ಸ್ವಿಚ್ ಪದೇ ಪದೇ ಟ್ರಿಪ್ ಆಗುತ್ತಿದೆ, ಪರಿಹಾರ ತಿಳಿಸಿ

ಹೊಳೆಬದಿ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಸ್ವಿಚ್ ಪದೇ ಪದೇ ಟ್ರಿಪ್ ಆಗುತ್ತಿದೆ. ಎಲೆಕ್ಟ್ರಿಷಿಯನ್ ಬಂದು ಹೊಸದನ್ನು ಹಾಕಿದರೂ ಅದೇ ಕಥೆ. ಇದಕ್ಕೆ ಕಾರಣವೇನು ಮತ್ತು ಏನು ಮಾಡಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಿ.

ಮೋಟಾರ್ ಕಾಯಕ:
ನೀರಿನ ಮೋಟಾರ್ ಇದ್ದರೆ ಮೊದಲು ಅದನ್ನೇ ಪರೀಕ್ಷಿಸಿ. ವೈಂಡಿಂಗ್‌ಗೆ ತೇವ ಹಿಡಿದಿದ್ದರೆ ಮೋಟಾರಿನ ಮೈಗೆ ಕರೆಂಟ್ ಸೋರುತ್ತದೆ, ಸ್ವಿಚ್ ಬೀಳುತ್ತದೆ. ನಮ್ಮ ಅಂಗಡಿಗೆ ಬರುವ ಇಂತಹ ದೂರುಗಳಲ್ಲಿ ಹೆಚ್ಚಿನವು ಮೋಟಾರಿನವೇ.

ತಂತಿಪಾಳಿ:
ಮೋಟಾರ್ ಇರಬಹುದು, ಆದರೆ ಈ ಮನೆಯಲ್ಲಿ ಮೋಟಾರ್ ಇದೆಯೋ ಇಲ್ಲವೋ ಎಂಬುದೇ ನಮಗಿನ್ನೂ ಗೊತ್ತಿಲ್ಲ. ಹೊಳೆಬದಿಯವರೇ, ಬೀಳುತ್ತಿರುವುದು ಯಾವುದು ಎಂಬುದನ್ನು ಮೊದಲು ನೋಡಿ ಹೇಳಿ. ಮನೆಯ ಎಲ್ಲ ಸಾಲುಗಳು ಕವಲೊಡೆಯುವ ಪೆಟ್ಟಿಗೆ, ಅಂದರೆ ಡಿಬಿಯಲ್ಲಿ ಸಾಲಾಗಿರುವ ಸಣ್ಣ ಎಂಸಿಬಿಗಳಲ್ಲಿ ಒಂದೋ, ಅಥವಾ ಅವುಗಳ ಪಕ್ಕದಲ್ಲಿ ತುಸು ಅಗಲವಾಗಿದ್ದು ‘T’ ಎಂಬ ಗುಂಡಿಯಿರುವ ಆರ್‌ಸಿಸಿಬಿಯೋ? ಎಂಸಿಬಿ ಬೀಳುವುದು ಕರೆಂಟ್ ಮಿತಿಮೀರಿ ಹರಿದಾಗ. ಆರ್‌ಸಿಸಿಬಿಗೆ ಕರೆಂಟ್ ಹೆಚ್ಚೋ ಕಡಿಮೆಯೋ ಎಂಬ ಚಿಂತೆಯೇ ಇಲ್ಲ, ಫೇಸ್‌ನಲ್ಲಿ ಹೋದಷ್ಟು ನ್ಯೂಟ್ರಲ್‌ನಲ್ಲಿ ಮರಳಿ ಬಂತೇ ಎಂಬುದನ್ನಷ್ಟೇ ಅದು ನೋಡುತ್ತದೆ. ಹೀಗಾಗಿ ಇವೆರಡರಲ್ಲಿ ಯಾವುದು ಎಂದು ತಿಳಿಯದೆ ಹೇಳುವ ಪರಿಹಾರ ಅರ್ಧಕ್ಕರ್ಧ ತಪ್ಪಾಗಿರುತ್ತದೆ.

ಇದರ ಜೊತೆಗೆ ಇನ್ನೂ ಮೂರು ವಿಷಯ ಬೇಕು. ವೈರಿಂಗ್ ಎಷ್ಟು ವರ್ಷ ಹಳೆಯದು? ತೊಂದರೆ ಯಾವಾಗಿನಿಂದ ಶುರುವಾಯಿತು, ಆ ಹೊತ್ತಿನಲ್ಲಿ ಮನೆಯಲ್ಲಿ ಏನಾದರೂ ಬದಲಾಗಿತ್ತೇ? ಬೀಳುವ ಕ್ಷಣದಲ್ಲಿ ಯಾವ ಯಾವ ಉಪಕರಣಗಳು ನಡೆಯುತ್ತಿದ್ದವು? ಕೊನೆಯದಕ್ಕೆ ನೆನಪಿನಿಂದ ಉತ್ತರಿಸಬೇಡಿ. ಒಂದೆರಡು ದಿನ ಚೀಟಿಯಲ್ಲಿ ಬರೆದಿಟ್ಟು ಹೇಳಿ.

ಮೂರನೇ ಮಹಡಿ:
ನಮಗೂ ಇದೇ ತೊಂದರೆ ಇತ್ತು. ಇನ್ವರ್ಟರ್ ಹಾಕಿಸಿದ ದಿನದಿಂದ ಆರ್‌ಸಿಸಿಬಿ ನಿಲ್ಲುತ್ತಲೇ ಇರಲಿಲ್ಲ. ಇನ್ವರ್ಟರ್‌ನಿಂದ ಬರುವ ದೀಪಗಳ ನ್ಯೂಟ್ರಲನ್ನು ಬೇರೆ ಸಾಲಿನ ನ್ಯೂಟ್ರಲ್ ಜೊತೆ ಕಟ್ಟಿದ್ದರು. ಬೇರ್ಪಡಿಸಿದ ಮೇಲೆ ಸರಿಯಾಯಿತು. ನಿಮ್ಮದೂ ಅದೇ ಇರಬೇಕು.

ಹೊಳೆಬದಿ ಮನೆ:
ನಮ್ಮಲ್ಲಿ ಇನ್ವರ್ಟರ್ ಇಲ್ಲ. ತಂತಿಪಾಳಿ ಸರ್, ನೀವು ಹೇಳಿದಂತೆ ಬರೆದಿಟ್ಟೆ. ಬೀಳುತ್ತಿರುವುದು ‘T’ ಗುಂಡಿಯ ಆರ್‌ಸಿಸಿಬಿ. ಅದರ ಮೇಲೆ 30 mA ಎಂದಿದೆ. ಎಂಸಿಬಿ ಒಂದೂ ಬಿದ್ದಿಲ್ಲ. ಮನೆ ಸಾಗರದ ಹತ್ತಿರ, ವೈರಿಂಗ್ ಮನೆ ಕಟ್ಟಿದ 2006ರದ್ದು. ತೊಂದರೆ ಶುರುವಾದದ್ದು ಯುಗಾದಿ ಕಳೆದ ಮೇಲೆ, ಆಗ ಹೊಸ ಉಪಕರಣ ಏನೂ ಬಂದಿರಲಿಲ್ಲ. ಸಂಪಿನಿಂದ ಟ್ಯಾಂಕಿಗೆ ನೀರು ಏರಿಸಲು ಒಂದು ಎಚ್‌ಪಿ ಮೋಟಾರ್ ಇದೆ, ಅದನ್ನು ಹಾಕಿದಾಗ ಹೆಚ್ಚು ಸಲ ಬೀಳುತ್ತದೆ. ಆದರೆ ಮೋಟಾರ್ ಆಫ್ ಇದ್ದಾಗ ಇಸ್ತ್ರಿ ಪೆಟ್ಟಿಗೆ ಹಾಕಿದರೂ ಬಿದ್ದಿದೆ. ಮಿಕ್ಸಿಗೆ ಒಮ್ಮೊಮ್ಮೆ ಬೀಳುತ್ತದೆ, ಒಮ್ಮೊಮ್ಮೆ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಒಮ್ಮೆಯೂ ಬಿದ್ದಿಲ್ಲ. ಎಲೆಕ್ಟ್ರಿಷಿಯನ್ ಎಲ್ಲ ಎಂಸಿಬಿ ಇಳಿಸಿ ಒಂದೊಂದಾಗಿ ಏರಿಸಿ ನೋಡಿದರು, ಯಾವುದರಲ್ಲೂ ದೋಷ ಸಿಗಲಿಲ್ಲ. ಕೊನೆಗೆ ಆರ್‌ಸಿಸಿಬಿಯನ್ನೇ ತೆಗೆದು ನೇರ ಕೊಟ್ಟುಬಿಡೋಣ ಎಂದರು. ನಾನು ಒಪ್ಪಲಿಲ್ಲ.

ತಂತಿಪಾಳಿ:
ಒಪ್ಪದಿದ್ದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಅದು ತೋರಿಸುತ್ತಿರುವ ಸೋರಿಕೆ ನಿಜವಾದದ್ದು ಎಂದೇ ನನಗನ್ನಿಸುತ್ತದೆ.

ನೀವು ಬರೆದದ್ದರಲ್ಲಿ ನನ್ನ ಗಮನ ಸೆಳೆದದ್ದು ಇಷ್ಟು. ಮೋಟಾರ್, ಇಸ್ತ್ರಿ ಪೆಟ್ಟಿಗೆ, ಮಿಕ್ಸಿ ಮೂರೂ ಒಂದೇ ಸಮಯಕ್ಕೆ ಕೆಡುವುದು ಸಂಭವವಿಲ್ಲ. ಅವು ಮೂರಕ್ಕೂ ಸಮಾನವಾಗಿರುವುದು ಹೆಚ್ಚು ಕರೆಂಟ್ ಎಳೆಯುವ ಗುಣ ಮಾತ್ರ. ಹೊರೆ ಹೆಚ್ಚಿದಾಗ ಬೀಳುತ್ತದೆ, ಇಲ್ಲದಾಗ ನಿಲ್ಲುತ್ತದೆ ಎಂದರೆ ಸೋರಿಕೆ ಫೇಸ್‌ನಿಂದಲ್ಲ, ಎಲ್ಲೋ ನ್ಯೂಟ್ರಲ್‌ನಿಂದ ಅರ್ಥಿಂಗ್‌ಗೆ ಆಗುತ್ತಿದೆ ಎಂದು ಅನುಮಾನಿಸಬೇಕು.

ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ ನೋಡಿದರೂ ಅದು ಸಿಗದಿರಲು ಕಾರಣವಿದೆ. ನಮ್ಮ ಮನೆಗಳ ಡಿಬಿಯಲ್ಲಿ ಪ್ರತಿ ಸಾಲಿಗೂ ಇರುವ ಎಂಸಿಬಿ ಸಾಮಾನ್ಯವಾಗಿ ಒಂದೇ ತಂತಿಯದು, ಅದು ಫೇಸನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್‌ಗಳೆಲ್ಲ ಪಟ್ಟಿಯ ಮೇಲೆ ಒಟ್ಟಿಗೆ ಕಟ್ಟಿಕೊಂಡೇ ಇರುತ್ತವೆ. ಗೋಡೆಯ ಸ್ವಿಚ್ಚೂ ಹಾಗೆಯೇ. ಆದ್ದರಿಂದ ಆಫ್ ಮಾಡಿದ ಉಪಕರಣವೂ ನ್ಯೂಟ್ರಲ್ ಮೂಲಕ ಡಿಬಿಗೆ ಅಂಟಿಕೊಂಡೇ ಇರುತ್ತದೆ, ಅದರೊಳಗಿನ ಸೋರಿಕೆಯೂ ಹಾಗೆಯೇ ಇರುತ್ತದೆ.

ಆದ್ದರಿಂದ ಡಿಬಿಯನ್ನು ತೆರೆಯದೆಯೇ ನೀವು ಮಾಡಬಹುದಾದ ಪರೀಕ್ಷೆ ಹೀಗಿದೆ. ಮನೆಯಲ್ಲಿ ಪ್ಲಗ್ ಇರುವ ಎಲ್ಲವನ್ನೂ, ಸ್ವಿಚ್ ಆಫ್ ಮಾಡಿದರೆ ಸಾಲದು, ಸಾಕೆಟ್‌ನಿಂದ ಹೊರಗೆಳೆಯಿರಿ: ಫ್ರಿಜ್, ವಾಷಿಂಗ್ ಮೆಷಿನ್, ಟಿವಿ, ಗೀಸರ್, ನೀರಿನ ಫಿಲ್ಟರ್. ಆಮೇಲೆ ಇಸ್ತ್ರಿ ಪೆಟ್ಟಿಗೆಯೊಂದನ್ನೇ ಹಾಕಿ. ಆರ್‌ಸಿಸಿಬಿ ಬೀಳದೆ ನಿಂತರೆ, ಒಂದೊಂದೇ ಪ್ಲಗ್ಗನ್ನು ಅದರ ಸ್ವಿಚ್ ಆಫ್ ಇರುವಾಗಲೇ ತೂರಿಸಿ, ಪ್ರತಿ ಸಲವೂ ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಬೇಡ.

ಮೋಟಾರ್ ಕಾಯಕ:
ನ್ಯೂಟ್ರಲ್‌ನಲ್ಲಿ ವೋಲ್ಟೇಜ್ ಇಲ್ಲದಿರುವಾಗ ಅದು ಅರ್ಥಿಂಗ್‌ಗೆ ಹೇಗೆ ಸೋರುತ್ತದೆ? ನನ್ನ ಸಲಹೆ ಬೇರೆ. ಮನೆ ಹಳೆಯದು, ಅಲ್ಲಲ್ಲಿ ಸ್ವಲ್ಪ ಸೋರಿಕೆ ಇದ್ದೇ ಇರುತ್ತದೆ. 100 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಬೀಳುವುದು ನಿಲ್ಲುತ್ತದೆ.

ತಂತಿಪಾಳಿ:
ಬೀಳುವುದು ನಿಲ್ಲುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ 30ರದ್ದನ್ನು ಹಾಕುವುದು ಮನುಷ್ಯರ ಜೀವ ಉಳಿಸಲು. 100ರದ್ದು ಸೋರಿಕೆಯಿಂದ ಬೆಂಕಿ ಹತ್ತುವುದನ್ನು ತಡೆಯಲು ಆದೀತು, ಶಾಕ್ ಹೊಡೆಸಿಕೊಂಡವರನ್ನು ಉಳಿಸುವ ಭರವಸೆ ಅದಕ್ಕಿಲ್ಲ. ಬಚ್ಚಲಿರುವ ಮನೆಗೆ ಅದನ್ನು ನಾನು ಹೇಳಲಾರೆ.

ನೀವು ಕೇಳಿದ ಪ್ರಶ್ನೆ ಮಾತ್ರ ಸರಿಯಾದದ್ದು. ನ್ಯೂಟ್ರಲ್ ಸೊನ್ನೆ ಎಂಬುದು ಹೊರೆ ಇಲ್ಲದಾಗಿನ ಮಾತು. ಕಂಬದಿಂದ ಮನೆಗೆ ಬರುವ ತಂತಿಗೂ, ಅದರ ಹಿಂದಿನ ಲೈನಿಗೂ ಅಷ್ಟಿಷ್ಟು ರೋಧ ಇರುತ್ತದೆ. ಅದು 0.4 ಓಮ್ ಎಂದಿಟ್ಟುಕೊಳ್ಳಿ. ಇಸ್ತ್ರಿ ಪೆಟ್ಟಿಗೆ, ದೀಪ, ಫ್ಯಾನು ಸೇರಿ 5 ಆಂಪಿಯರ್ ಎಳೆದರೆ ಮನೆಯ ನ್ಯೂಟ್ರಲ್ ನೆಲಕ್ಕಿಂತ 2 ವೋಲ್ಟ್ ಮೇಲೇರುತ್ತದೆ. ಸೋರಿಕೆಯ ದಾರಿ, ಅರ್ಥಿಂಗ್ ಗುಂಡಿಯ ರೋಧವೂ ಸೇರಿ, 50 ಓಮ್ ಇದ್ದರೆ 40 ಮಿಲಿ ಆಂಪಿಯರ್ ನೆಲಕ್ಕೆ ಹೋಗುತ್ತದೆ. ಆರ್‌ಸಿಸಿಬಿ ಬೀಳಲು ಅದು ಧಾರಾಳವಾಯಿತು. ರಾತ್ರಿ ಫ್ರಿಜ್ ಒಂದೇ ನಡೆಯುವಾಗ ಅದೇ ದಾರಿಯಲ್ಲಿ ಕೆಲವೇ ಮಿಲಿ ಆಂಪಿಯರ್ ಹೋಗುವುದರಿಂದ ನಿಲ್ಲುತ್ತದೆ. ಮೋಟಾರ್ ಚಾಲೂ ಆಗುವಾಗ ಕ್ಷಣಕಾಲ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ, ಆದ್ದರಿಂದಲೇ ಅದಕ್ಕೆ ಹೆಚ್ಚು ಸಲ ಬಿದ್ದಿರುವುದು.

ಹೊಳೆಬದಿ ಮನೆ:
ಸರ್, ಸಿಕ್ಕಿತು. ಪ್ಲಗ್‌ಗಳನ್ನೆಲ್ಲ ಕಿತ್ತ ಮೇಲೆ ಇಸ್ತ್ರಿ ಪೆಟ್ಟಿಗೆಯೂ ಮೋಟಾರೂ ಒಟ್ಟಿಗೆ ನಡೆದವು, ಏನೂ ಆಗಲಿಲ್ಲ. ಫ್ರಿಜ್ ಹಾಕಿದೆ, ವಾಷಿಂಗ್ ಮೆಷಿನ್ ಹಾಕಿದೆ, ಸರಿಯಾಗಿತ್ತು. ಬಚ್ಚಲಿನ ಗೀಸರಿನ ದೊಡ್ಡ ಪ್ಲಗ್ಗನ್ನು ಸ್ವಿಚ್ ಆಫ್ ಇರುವಾಗಲೇ ತೂರಿಸಿ ಇಸ್ತ್ರಿ ಪೆಟ್ಟಿಗೆ ಹಾಕಿದ ತಕ್ಷಣ ಆರ್‌ಸಿಸಿಬಿ ಬಿತ್ತು. ಕಿತ್ತರೆ ನಿಲ್ಲುತ್ತದೆ, ತೂರಿಸಿದರೆ ಬೀಳುತ್ತದೆ. ಆದರೆ ಆ ಗೀಸರನ್ನು ಬೇಸಿಗೆ ಬಂದ ಮೇಲೆ ನಾವು ಬಳಸಿಯೇ ಇಲ್ಲ! ಬಳಸದೆ ಇರುವಾಗ ಅದು ಕೆಟ್ಟದ್ದು ಹೇಗೆ?

ತಂತಿಪಾಳಿ:
ಬಳಸದೆ ಬಿಟ್ಟದ್ದೇ ಅದು ಹೊರಬೀಳಲು ಕಾರಣವಾಗಿರಬಹುದು. ಗೀಸರಿನ ಎಲಿಮೆಂಟ್ ಎಂದರೆ ಲೋಹದ ಕೊಳವೆ, ಅದರ ನಡುವೆ ಕಾಯುವ ತಂತಿ, ಎರಡರ ನಡುವೆ ಒತ್ತಿ ತುಂಬಿದ ಬಿಳಿ ಪುಡಿ. ಕರೆಂಟ್ ಕೊಳವೆಗೆ ಬರದಂತೆ ತಡೆಯುವುದು ಆ ಪುಡಿಯೇ, ಆದರೆ ಅದಕ್ಕೆ ತೇವ ಹೀರುವ ಸ್ವಭಾವವಿದೆ. ಗಡಸು ನೀರಿನ ಉಪ್ಪು ಕೊಳವೆಯ ಮೇಲೆ ಕಟ್ಟಿಕೊಂಡು ಕೊಳವೆ ಅತಿಯಾಗಿ ಕಾದು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಒಳಗಿಳಿಯುತ್ತದೆ. ದಿನವೂ ಕಾಯಿಸುತ್ತಿದ್ದಾಗ ತೇವ ಒಣಗುತ್ತಿತ್ತು, ನಿಲ್ಲಿಸಿದ ಮೇಲೆ ಉಳಿಯಿತು. ನಿಮ್ಮದು ಬೋರ್‌ವೆಲ್ ನೀರೇ?

ಗೀಸರಿನ ಪ್ಲಗ್ ಕಿತ್ತೇ ಇರಲಿ. ಎಲಿಮೆಂಟನ್ನು ಕಳಚುವ ಮೊದಲು ಎಲೆಕ್ಟ್ರಿಷಿಯನ್‌ಗೆ ಇನ್ಸುಲೇಷನ್ ಅಳೆಯುವ 500 ವೋಲ್ಟಿನ ಮೆಗ್ಗರ್ ತರಲು ಹೇಳಿ, ಎಲಿಮೆಂಟಿನ ತುದಿಗೂ ಬಾಡಿಗೂ ನಡುವೆ ಅಳೆಯಲಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಎಲಿಮೆಂಟನ್ನು ಬದಲಿಸಿಬಿಡಿ. ಮಲ್ಟಿಮೀಟರಿನಲ್ಲೂ ಕೆಲವೇ ಓಮ್ ಅಥವಾ ಕಿಲೋಓಮ್ ತೋರಿಸಿದರೆ ಕೆಟ್ಟಿದೆ ಎಂದೇ ಅರ್ಥ. ಆದರೆ ಮಲ್ಟಿಮೀಟರ್ ಸರಿ ಎಂದು ತೋರಿಸಿದ ಮಾತ್ರಕ್ಕೆ ನಂಬಬೇಡಿ, ಅದರ ಸಣ್ಣ ಬ್ಯಾಟರಿ ಒತ್ತಡಕ್ಕೆ ಕಾಣದ ಸೋರಿಕೆ ಎಷ್ಟೋ ಇರುತ್ತದೆ. ಎಲಿಮೆಂಟಿನ ಎರಡು ತುದಿಗಳ ನಡುವೆ ಅಳೆದರೆ, 2000 ವಾಟಿನದಾದರೆ, 26 ಓಮ್ ಆಸುಪಾಸು ಬರಬೇಕು. ಅದು ಸರಿಯಿದೆ ಎಂದು ಕೆಲವರು ಎಲಿಮೆಂಟನ್ನು ಪಾಸು ಮಾಡಿಬಿಡುತ್ತಾರೆ. ನೀರು ಕಾಯುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ಮೂರನೇ ಮಹಡಿ:
ನಮ್ಮ ಇನ್ವರ್ಟರಿನದ್ದೂ ನ್ಯೂಟ್ರಲ್‌ನ ತೊಂದರೆಯೇ ಆಗಿತ್ತಲ್ಲ, ಹಾಗಾದರೆ ಎರಡೂ ಒಂದೇ ಎನ್ನಬಹುದೇ?

ತಂತಿಪಾಳಿ:
ಒಂದೇ ಅಲ್ಲ. ನಿಮ್ಮಲ್ಲಿ ಕರೆಂಟ್ ನೆಲಕ್ಕೆ ಸೋರಿರಲಿಲ್ಲ, ಒಂದು ದಾರಿಯಿಂದ ಹೋಗಿ ಇನ್ನೊಂದು ದಾರಿಯಿಂದ ಮರಳುತ್ತಿತ್ತು. ಆರ್‌ಸಿಸಿಬಿಯ ಲೆಕ್ಕದಲ್ಲಿ ಎರಡೂ ಕೊರತೆಯೇ. ನಿಮ್ಮದು ಇನ್ವರ್ಟರ್ ಹಾಕಿದ ದಿನವೇ ಶುರುವಾಯಿತು ಎಂಬುದರಿಂದ ಹುಡುಕುವುದು ಸುಲಭವಾಗಿದ್ದಿರಬೇಕು.

ಹೊಳೆಬದಿ ಮನೆ:
ಬೋರ್‌ವೆಲ್ ನೀರೇ ಸರ್. ಎಲಿಮೆಂಟ್ ತೆಗೆಸಿದೆವು. ಮೇಲೆ ಸುಣ್ಣದಂತಹ ದಪ್ಪ ಪದರ. ಅದನ್ನು ಕೆರೆದಾಗ ಬಾಗಿದ ಜಾಗದಲ್ಲಿ ಸಣ್ಣ ಸೀಳು ಕಂಡಿತು, ಅದರ ಸುತ್ತ ಹಸಿರುಗಪ್ಪು ಕಲೆ. ಮೆಗ್ಗರ್‌ನ ಮುಳ್ಳು ಸೊನ್ನೆ ಬಿಟ್ಟು ಕದಲಲೇ ಇಲ್ಲ. ಹೊಸ ಎಲಿಮೆಂಟ್ ಹಾಕಿಸಿದ ಮೇಲೆ ಗೀಸರ್, ಮೋಟಾರ್, ಇಸ್ತ್ರಿ ಪೆಟ್ಟಿಗೆ ಮೂರೂ ಒಟ್ಟಿಗೆ ನಡೆಯುತ್ತಿವೆ. ಆದರೆ ಮೊನ್ನೆ ಜೋರು ಮಳೆ ಬಂದ ರಾತ್ರಿ ಒಮ್ಮೆ ಬಿತ್ತು. ಬೆಳಿಗ್ಗೆ ಏರಿಸಿದೆ, ನಿಂತಿದೆ. ಇದೂ ಗೀಸರಿನದೇ ಇರಬಹುದೇ?

ಮೋಟಾರ್ ಕಾಯಕ:
ಮಳೆಯ ರಾತ್ರಿ ಎಂದರೆ ಸಂಪಿನ ಬಳಿಯಿರುವ ಮೋಟಾರಿನ ಟರ್ಮಿನಲ್ ಡಬ್ಬಿಯನ್ನು ಈಗಲಾದರೂ ತೆರೆಸಿ ನೋಡಿ. ಮುಚ್ಚಳದ ರಬ್ಬರ್ ಹೋಗಿದ್ದರೆ ಸ್ವಿಚ್ ಆಫ್ ಇದ್ದರೂ ಅಲ್ಲಿ ನ್ಯೂಟ್ರಲ್ ತೋಯುತ್ತದೆ.

ತಂತಿಪಾಳಿ:
ಹೌದು, ಈ ಸಲ ಅವರ ಮಾತನ್ನು ಮೊದಲು ನೋಡಿ, ಮೇನ್ ಆಫ್ ಮಾಡಿಸಿಯೇ ತೆರೆಸಿ. ಹೊರಗೆ ಗೇಟಿನ ದೀಪವೋ ಅಂಗಳದ ಸಾಕೆಟ್ಟೋ ಇದ್ದರೆ ಅವೂ ಅನುಮಾನದವೇ. ಅಂತಹ ಸಾಲಿನ ಫೇಸ್, ನ್ಯೂಟ್ರಲ್ ಎರಡನ್ನೂ ಎಲೆಕ್ಟ್ರಿಷಿಯನ್ ಡಿಬಿಯಲ್ಲೇ ಬಿಡಿಸಿ ಟೇಪ್ ಸುತ್ತಿಡಲಿ, ಮುಂದಿನ ಮಳೆಗೆ ಬೀಳುತ್ತದೆಯೇ ನೋಡಿ. ಗುಡುಗು ಸಿಡಿಲಿನ ರಾತ್ರಿಯಾಗಿದ್ದರೆ ಲೈನಿನಲ್ಲಿ ಬಂದ ಏರಿಳಿತಕ್ಕೂ ಒಮ್ಮೆ ಬಿದ್ದಿರಬಹುದು, ಒಂದೇ ಘಟನೆಯಿಂದ ಅದನ್ನು ಹೇಳಲಾಗದು. ಆ ರಾತ್ರಿ ಸಿಡಿಲಿತ್ತೇ, ಗೇಟಿನ ದೀಪ ಉರಿಯುತ್ತಿತ್ತೇ?

ಹೊಳೆಬದಿ ಮನೆ:
ಸಿಡಿಲಿತ್ತು. ಗೇಟಿನ ದೀಪ ರಾತ್ರಿಯಿಡೀ ಉರಿಯುತ್ತದೆ. ಎಲೆಕ್ಟ್ರಿಷಿಯನ್ ಭಾನುವಾರ ಬರುತ್ತಾರೆ. ಮೋಟಾರಿನ ಡಬ್ಬಿ ತೆರೆಸಿ, ಗೇಟಿನ ಸಾಲು ಬಿಡಿಸಿಟ್ಟು, ಮಳೆ ಬಂದ ಮೇಲೆ ಏನಾಯಿತೆಂದು ಇಲ್ಲೇ ಬರೆಯುತ್ತೇನೆ.