ಹೇರ್ ಕಾರ್ಡ್‌ನಲ್ಲಿ ಒಳಗಿನ ಕೂದಲು ಹೊರಗೆ ಕಾಣಿಸ್ತಿದೆ: ಸ್ಟ್ರ್ಯಾಂಡ್‌ಗೆ ಹೋಗಲೇಬೇಕಾ?

ಬಹುಭುಜಿ

ಭುಜದವರೆಗೆ ಇಳಿಬಿಟ್ಟ ಕೂದಲಿರುವ ಒಂದು ಪಾತ್ರ ಮಾಡ್ತಿದ್ದೇನೆ. ಮಾಡೆಲ್ ಬ್ಲೆಂಡರ್‌ನಲ್ಲಿ, ರೆಂಡರ್ ಯೂನಿಟಿ ಯುಆರ್‌ಪಿಯಲ್ಲಿ. ಒಟ್ಟು 300 ಕಾರ್ಡ್, ನೆತ್ತಿಗೆ ಅಂಟಿದ ಪದರ, ನಡುವಿನದು, ಹೊರಗಿನದು ಅಂತ ಮೂರು ಪದರ. ಎಲ್ಲವೂ ಒಂದೇ ಮೆಶ್, ಒಂದೇ ಮೆಟೀರಿಯಲ್, `Surface Type` ಅನ್ನು `Transparent` ಮಾಡಿದ್ದೇನೆ.

ಹೊರಗಿನ ಪದರದ ಮೇಲೆ ಒಳಗಿನ ಗಾಢ ಬಣ್ಣದ ಕೂದಲು ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಬಂದು ಕೂತಿದೆ. ಕ್ಯಾಮೆರಾ ಸುತ್ತ ತಿರುಗಿಸಿದರೆ ಕೆಲವು ಕಡೆಯಿಂದ ಸರಿ, ಕೆಲವು ಕಡೆಯಿಂದ ಅಸಹ್ಯ. `Opaque` ಮಾಡಿ `Alpha Clipping` ಹಾಕಿದರೆ ಕ್ರಮ ಸರಿಹೋಗುತ್ತೆ, ಆದರೆ ತುದಿಗಳೆಲ್ಲ ಗರಗಸದ ಹಲ್ಲು. ಕಾರ್ಡ್ ಬಿಟ್ಟು ಸ್ಟ್ರ್ಯಾಂಡ್‌ಗೇ ಹೋಗಿಬಿಡಲಾ?

ಎಳೆಎಳೆ

ಹೋಗಿಬಿಡಿ. ಕಾರ್ಡ್ ಅಂದ್ರೆ ಕಾಗದದ ಪಟ್ಟಿಗೆ ಕೂದಲಿನ ಚಿತ್ರ ಅಂಟಿಸೋದು, ಅದಕ್ಕೇ ಪಾರದರ್ಶಕತೆ ಬೇಕಾಗೋದು. ಸ್ಟ್ರ್ಯಾಂಡ್‌ನಲ್ಲಿ ಪ್ರತಿ ಎಳೆಯೂ ನಿಜವಾದ ಜ್ಯಾಮಿತಿ. ಆಲ್ಫಾ ಇಲ್ಲ ಅಂದಮೇಲೆ ಸಾರ್ಟಿಂಗ್ ರಗಳೆಯೂ ಇಲ್ಲ.

ಹಳೆಪಿಕ್ಸೆಲ್

ಅಷ್ಟು ಸುಲಭ ಇಲ್ಲ ಎಳೆಎಳೆ ಅವರೇ. ಕೂದಲಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ದಾಟೋದು ಕಡಿಮೆ. ಕ್ಯಾಮೆರಾ ಎರಡು ಹೆಜ್ಜೆ ಹಿಂದೆ ಹೋದರೆ ಒಂದು ಎಳೆ ಒಂದು ಪಿಕ್ಸೆಲ್‌ಗಿಂತ ಸಣ್ಣದಾಗುತ್ತೆ. ಅದನ್ನು ಪೂರ್ತಿ ಪಿಕ್ಸೆಲ್ ಆಗಿ ಬರೆದರೆ ಕೂದಲು ತಂತಿಯ ಹಾಗೆ ಒರಟಾಗಿ ಮಿನುಗುತ್ತೆ. ಹಾಗಾಗಬಾರದು ಅಂದ್ರೆ ಆ ಎಳೆ ಪಿಕ್ಸೆಲ್‌ನ ಎಷ್ಟು ಪಾಲು ಮುಚ್ಚುತ್ತೋ ಅಷ್ಟೇ ಬಣ್ಣ ಬೆರೆಸಬೇಕು. ಬೆರೆಸೋದು ಅಂದಮೇಲೆ ಆಲ್ಫಾ ಹಿತ್ತಲ ಬಾಗಿಲಿಂದ ವಾಪಸ್ ಬಂತು. 2013ರ ಟೂಂಬ್ ರೇಡರ್‌ನಲ್ಲಿ ಬಂದ ಟ್ರೆಸ್‌ಎಫ್‌ಎಕ್ಸ್ ಇದಕ್ಕಾಗಿಯೇ ಪ್ರತಿ ಪಿಕ್ಸೆಲ್‌ಗೆ ಬಿದ್ದ ಎಳೆಗಳನ್ನು ಪಟ್ಟಿ ಕಟ್ಟಿ, ಮುಂದಿನ ಕೆಲವನ್ನು ಆಳದ ಪ್ರಕಾರ ಜೋಡಿಸಿ ಬೆರೆಸುತ್ತಿತ್ತು. ಅಂದ್ರೆ ಸಾರ್ಟಿಂಗ್ ಇದ್ದೇ ಇತ್ತು, ತ್ರಿಕೋನದ ಮಟ್ಟದಿಂದ ಪಿಕ್ಸೆಲ್ ಮಟ್ಟಕ್ಕೆ ಇಳಿದಿತ್ತು, ಮೆಮೊರಿ ಖರ್ಚಿನ ಸಮೇತ. ಅನ್‌ರಿಯಲ್‌ನ ಗ್ರೂಮ್ ಬಳಸುವವರು ಕೂಡ ದೂರಕ್ಕೆ ಕಾರ್ಡ್‌ಗೇ ಇಳೀತಾರೆ.

ಬಹುಭುಜಿ ಅವರೇ, ಮೊದಲು ಕಾರಣ ನೋಡೋಣ. ಇಂಜಿನ್ ಪಾರದರ್ಶಕ ವಸ್ತುಗಳನ್ನು ಹಿಂದಿನಿಂದ ಮುಂದಕ್ಕೆ ಜೋಡಿಸುತ್ತೆ, ಆದರೆ ಇಡೀ ವಸ್ತುವನ್ನು ಒಂದು ಘಟಕ ಅಂತ ಲೆಕ್ಕ ಹಿಡಿದು. ನಿಮ್ಮ 300 ಕಾರ್ಡ್ ಅದಕ್ಕೆ ಒಂದೇ ಮೆಶ್. ಒಳಗಿನ ತ್ರಿಕೋನಗಳು ಇಂಡೆಕ್ಸ್ ಬಫರ್‌ನಲ್ಲಿ ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಬರೀತವೆ, ಕ್ಯಾಮೆರಾ ಎಲ್ಲಿದ್ದರೂ ಸರಿ. `Transparent` ಆಗಿರೋದರಿಂದ ಆಳವನ್ನೂ ಬರೆಯಲ್ಲ, ಕೊನೆಗೆ ಬಂದವನೇ ಮೇಲೆ.

ವಿಂಗಡಣೆ

ಹಾಗಾದ್ರೆ ಸುಲಭ. 300 ಕಾರ್ಡ್‌ಗಳನ್ನೂ ಬೇರೆ ಬೇರೆ ಆಬ್ಜೆಕ್ಟ್ ಮಾಡಿ, ಇಂಜಿನ್ನೇ ಜೋಡಿಸಿಕೊಳ್ಳುತ್ತೆ.

ಹಳೆಪಿಕ್ಸೆಲ್

ಜೋಡಿಸುತ್ತೆ, ಆದರೆ ಪ್ರತಿ ಕಾರ್ಡ್‌ನ ಮಧ್ಯಬಿಂದು ಹಿಡಿದು. ಉದ್ದದ, ಬಾಗಿದ, ಒಂದರೊಳಗೊಂದು ತೂರಿದ ಪಟ್ಟಿಗಳಿಗೆ ಮಧ್ಯಬಿಂದು ಸುಳ್ಳು ಹೇಳುತ್ತೆ. ತಲೆ ಸ್ವಲ್ಪ ತಿರುಗಿದರೂ ಎರಡು ಕಾರ್ಡ್ ಥಟ್ಟನೆ ಜಾಗ ಬದಲಿಸಿ ಮಿಣುಕುತ್ತವೆ. ಡ್ರಾ ಕಾಲ್ ಲೆಕ್ಕವಂತೂ ಬೇಡ.

ಅದರ ಬದಲು ಕ್ರಮವನ್ನು ಮೆಶ್‌ನೊಳಗೇ ಒಮ್ಮೆ ಕೂರಿಸಿ. ತಲೆ ಹೆಚ್ಚುಕಡಿಮೆ ಚೆಂಡಿನ ಆಕಾರ. ನೆತ್ತಿಗೆ ಹತ್ತಿರದ್ದು ಮೊದಲು, ಹೊರಗಿನದ್ದು ಕೊನೆಗೆ ಅಂತ ಬರೆದರೆ ಎಲ್ಲ ಕಡೆಯಿಂದಲೂ ಬಹುಪಾಲು ಸರಿಯಾಗುತ್ತೆ. ಆಚೆ ಬದಿಯ ಕೂದಲನ್ನು ತಲೆಯ ಮೆಶ್ಶೇ ಮರೆಮಾಡುತ್ತೆ. ಎಟಿಐನಲ್ಲಿದ್ದ ಥೋರ್ಸ್ಟನ್ ಶೋಯರ್ಮನ್ 2004ರಲ್ಲೇ ತೋರಿಸಿದ ದಾರಿ ಇದು.

ಬ್ಲೆಂಡರ್‌ನಲ್ಲಿ 3ಡಿ ಕರ್ಸರನ್ನು ತಲೆಯ ನಡುವೆ ಇಡಿ. ಎಡಿಟ್ ಮೋಡ್‌ನಲ್ಲಿ ಎಲ್ಲ ಮುಖಗಳನ್ನೂ ಆರಿಸಿ `Mesh > Sort Elements > Cursor Distance`, ಕೆಳಗಿನ ಪ್ಯಾನೆಲ್‌ನಲ್ಲಿ `Faces` ಆರಿಸಿರಬೇಕು. ಉದ್ದ ಕೂದಲಿನ ತುದಿಯಲ್ಲಿ ಕರ್ಸರ್ ದೂರ ಅನ್ನೋದು ಪದರದ ಕ್ರಮವನ್ನು ಹೇಳಲ್ಲ. ಅಲ್ಲಿ ಕೈಯಾರೆ ಮಾಡಿ: ನಡುವಿನ ಪದರ ಆರಿಸಿ `Sort Elements > Selected`, ಆಮೇಲೆ ಒಳಪದರ ಆರಿಸಿ ಮತ್ತೊಮ್ಮೆ ಅದೇ. ಆರಿಸಿದ್ದು ಪ್ರತಿಸಲ ಸಾಲಿನ ಮುಂದಕ್ಕೆ ಹೋಗುತ್ತೆ, ಹಾಗಾಗಿ ಕೊನೆಯಲ್ಲಿ ಒಳ, ನಡು, ಹೊರ ಅಂತ ನಿಲ್ಲುತ್ತೆ.

ಗೊಂಬೆಮನೆ

ನನ್ನದೂ ಇದೇ ಕಥೆ, ಆದರೆ ಗೊಡೋದಲ್ಲಿ ರೆಪ್ಪೆಕೂದಲು. ಮೆಟೀರಿಯಲ್‌ನಲ್ಲಿ `Depth Pre-Pass` ಅಂತಿತ್ತು, ಹಾಕಿದೆ, ಮುಗೀತು. `Alpha Hash` ಕೂಡ ಇದೆ, ಆದರೆ ಅದು ಮರಳು ಚೆಲ್ಲಿದ ಹಾಗೆ ಕಾಣುತ್ತೆ. ಯೂನಿಟಿಯಲ್ಲಿ ಇಂಥದ್ದು ಇಲ್ವಾ?

ಬಹುಭುಜಿ

ಹಳೆಪಿಕ್ಸೆಲ್ ಸರ್, ಪದರ ಪದರವಾಗಿ ಜೋಡಿಸಿ ಎಕ್ಸ್‌ಪೋರ್ಟ್ ಮಾಡಿದೆ. ಯೂನಿಟಿಯಲ್ಲಿ ತೇಪೆಗಳು ಬೇರೆ ಜಾಗಕ್ಕೆ ಸರಿದವು ಅಷ್ಟೇ, ಮಾಯವಾಗಲಿಲ್ಲ. ಬ್ಲೆಂಡರ್‌ನಲ್ಲಿ ಮುಖಗಳ ಇಂಡೆಕ್ಸ್ ತೋರಿಸಿ ನೋಡಿದೆ, ಅಲ್ಲಿ ಕ್ರಮ ಸರಿಯಾಗೇ ಇದೆ.

ಹಳೆಪಿಕ್ಸೆಲ್

ಮಾಡೆಲ್‌ನ ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ `Optimize Mesh` ಏನಿದೆ ನೋಡಿ. ತಾನಾಗಿ `Everything` ಇರುತ್ತೆ. ಜಿಪಿಯು ಕ್ಯಾಶ್‌ಗೆ ಅನುಕೂಲ ಆಗಲಿ ಅಂತ ಅದು ತ್ರಿಕೋನಗಳನ್ನು ತನ್ನಿಷ್ಟಕ್ಕೆ ಮರುಜೋಡಿಸುತ್ತೆ, ನೀವು ಕೂರಿಸಿದ ಕ್ರಮ ಅಲ್ಲೇ ಚೆಲ್ಲಾಪಿಲ್ಲಿ. ಕೂದಲಿನ ಮೆಶ್‌ಗೆ ಮಾತ್ರ `Vertex Order` ಅಥವಾ `Nothing` ಇಡಿ. ಕೂದಲು ದೇಹದ ಫೈಲ್‌ನಲ್ಲೇ ಇದ್ದರೆ ಬೇರೆ ಎಫ್‌ಬಿಎಕ್ಸ್ ಮಾಡಿಕೊಳ್ಳಿ, ಯಾಕಂದ್ರೆ ಆ ಸೆಟ್ಟಿಂಗ್ ಇಡೀ ಫೈಲ್‌ಗೆ ಅನ್ವಯ.

ಬಹುಭುಜಿ

ಅದೇ! `Nothing` ಮಾಡಿದ ಕೂಡಲೇ ನೆತ್ತಿ, ಕಿವಿಯ ಪಕ್ಕ, ಹಣೆಯ ಮೇಲೆ ಎಲ್ಲ ತಿಳಿಯಾಯ್ತು.

ಒಂದೇ ಜಾಗ ಉಳಿದಿದೆ. ಎಡ ಹಿಂಬದಿಯಿಂದ ನೋಡಿದರೆ ಕತ್ತಿನ ಕೆಳಗೆ, ಭುಜದ ಹತ್ತಿರ, ಆಚೆ ಬದಿಯ ತುದಿಗಳು ಈಚೆ ಬದಿಯ ತುದಿಗಳ ಮೇಲೆ ಕಾಣ್ತಿವೆ. ಬಲ ಹಿಂಬದಿಯಿಂದ ಚೆನ್ನಾಗಿದೆ.

ಹಳೆಪಿಕ್ಸೆಲ್

ಒಂದು ಬದಿಯಿಂದ ಮಾತ್ರ ಅಂದ್ರೆ ಅನುಮಾನ ಬರುತ್ತೆ. ಗೇಮ್ ಟ್ಯಾಬ್ ಮೇಲೆ ರೈಟ್ ಕ್ಲಿಕ್ ಮಾಡಿ ರೆಂಡರ್‌ಡಾಕ್ ಲೋಡ್ ಮಾಡಿ, ಒಂದು ಫ್ರೇಮ್ ಹಿಡಿಯಿರಿ. ಕೆಟ್ಟಿರುವ ಒಂದು ಪಿಕ್ಸೆಲ್ ಆರಿಸಿ ಅದರ ಹಿಸ್ಟರಿ ತೆಗೆಯಿರಿ. ಅಲ್ಲಿಗೆ ಯಾವ ತ್ರಿಕೋನ ಯಾವ ಕ್ರಮದಲ್ಲಿ ಬಂತು ಅಂತ ನಂಬರ್ ಸಮೇತ ಇರುತ್ತೆ. ಹೇಳಿ.

ಬಹುಭುಜಿ

ಈಚೆ ಬದಿಯ ಕಾರ್ಡ್ `Primitive 1130`, ಅದರ ಮೇಲೆ ಆಚೆ ಬದಿಯದು `Primitive 3530`. ಪ್ರತಿ ಕಾರ್ಡ್‌ಗೆ 16 ತ್ರಿಕೋನ, ಒಟ್ಟು 4800.

ಹಳೆಪಿಕ್ಸೆಲ್

3530ರಲ್ಲಿ 1130 ಕಳೆದರೆ 2400. ಸರಿಯಾಗಿ ಅರ್ಧ ಮೆಶ್. ಎಡಭಾಗ ಮಾಡಿ ಮಿರರ್ ಮಾಡಿಫೈಯರ್ ಹಾಕಿದ್ದೀರಿ, ಅಲ್ವಾ? ಅದು ಬಲಭಾಗವನ್ನು ಪೂರ್ತಿ ಎಡಭಾಗದ ನಂತರ ಸೇರಿಸುತ್ತೆ. ಹಾಗಾಗಿ ಬಲದ ಕೂದಲು ಯಾವತ್ತೂ ಕೊನೆಗೆ.

ವಿಂಗಡಣೆ

ಹಾಗಾದ್ರೆ ಮಿರರ್ ಅಪ್ಲೈ ಮಾಡಿ ಇನ್ನೊಮ್ಮೆ ಸಾರ್ಟ್ ಮಾಡಿದರೆ ಆಯ್ತಲ್ಲ.

ಹಳೆಪಿಕ್ಸೆಲ್

ಅಪ್ಲೈ ಮಾಡೋದು ಒಳ್ಳೆಯದೇ, ಆದರೆ ಈ ತೊಂದರೆ ಹೋಗಲ್ಲ. ಎಡದ ಕಾರ್ಡೂ ಅದರ ಪ್ರತಿಬಿಂಬವೂ ತಲೆಯ ನಡುವಿನಿಂದ ಒಂದೇ ದೂರ. ಈಗ ಎಡದಿಂದ ಮಾತ್ರ ಕೆಟ್ಟಿರೋದು ಆಗ ಎರಡೂ ಕಡೆಗೆ ಅಷ್ಟಿಷ್ಟು ಹಂಚಿಕೊಳ್ಳುತ್ತೆ. ನಡುವೆ ಮರೆ ಇಲ್ಲದ ಎರಡು ಕಾರ್ಡ್‌ಗಳಿಗೆ ಎರಡೂ ಬದಿಯಿಂದ ಸರಿಯಾಗುವ ಒಂದೇ ಕ್ರಮ ಅಂತ ಇಲ್ಲವೇ ಇಲ್ಲ. ಅಲ್ಲಿ ಆಳ ಬರೆಯಲೇಬೇಕು.

ಗೊಂಬೆಮನೆ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತೆ. ಯುಆರ್‌ಪಿಯಲ್ಲಿ ಶೇಡರ್ ಬರೆಯದೆಯೇ ಮಾಡಬಹುದು. ಕೂದಲಿನ ರೆಂಡರರ್‌ಗೆ ಎರಡನೇ ಮೆಟೀರಿಯಲ್ ಸೇರಿಸಿ. ಸಬ್‌ಮೆಶ್ ಒಂದೇ ಇದ್ದು ಮೆಟೀರಿಯಲ್ ಎರಡಿದ್ದರೆ ಯೂನಿಟಿ ಅದೇ ಮೆಶ್ಶನ್ನು ಎರಡು ಸಲ ಬರೆಯುತ್ತೆ. ಮೊದಲನೆಯದು `Opaque`, `Alpha Clipping` ಇಟ್ಟು `Threshold` 0.9. ಇದು ಎಳೆಗಳ ಗಟ್ಟಿ ತಿರುಳನ್ನು ಆಳದ ಸಮೇತ ಬರೆಯುತ್ತೆ. ಎರಡನೆಯದು ಈಗಿರುವ `Transparent`. ತಿರುಳಿನ ಹಿಂದಿರುವುದೆಲ್ಲ ಆಳದ ಪರೀಕ್ಷೆಯಲ್ಲೇ ಬಿದ್ದುಹೋಗುತ್ತೆ, ಉಳಿಯೋದು ಅಂಚಿನ ನಯ ಮಾತ್ರ. ಅಂಚುಗಳ ನಡುವೆ ಕ್ರಮ ತಪ್ಪಿದರೂ ಕಣ್ಣಿಗೆ ಬೀಳೋದು ಕಡಿಮೆ.

`Threshold` ಅನ್ನು 0.5ಕ್ಕೆ ಇಳಿಸಬೇಡಿ. ಅರೆಪಾರದರ್ಶಕ ಅಂಚೂ ಗಟ್ಟಿಯಾಗಿ ಬರೆದುಕೊಂಡು ಗರಗಸ ವಾಪಸ್ ಬರುತ್ತೆ.

ಬಹುಭುಜಿ

ಹತ್ತಿರದಿಂದ ಈಗ ತುಂಬಾ ಚೆನ್ನಾಗಿದೆ. ಕ್ಯಾಮೆರಾ ದೂರ ಹೋದರೆ ಭುಜದ ಹತ್ತಿರದ ತೇಪೆ ಮತ್ತೆ ಬರ್ತಿದೆ, ಇದೇನು?

ಹಳೆಪಿಕ್ಸೆಲ್

ಮಿಪ್‌ಮ್ಯಾಪ್. ಟೆಕ್ಸ್‌ಚರ್ ಕುಗ್ಗಿದಾಗ ತೆಳು ಎಳೆಯ ಆಲ್ಫಾ ಪಕ್ಕದ ಖಾಲಿ ಜಾಗದೊಂದಿಗೆ ಸರಾಸರಿಯಾಗಿ ಕೆಳಗಿಳಿಯುತ್ತೆ. 0.9 ದಾಟುವ ಪಿಕ್ಸೆಲ್ ಉಳಿಯಲ್ಲ, ತಿರುಳು ಮಾಯ, ಆಳವೂ ಮಾಯ. ಟೆಕ್ಸ್‌ಚರ್ ಇಂಪೋರ್ಟ್‌ನಲ್ಲಿ `Preserve Coverage` ಆರಿಸಿ, ಅದರ `Alpha Cutoff` ಕೂಡ 0.9 ಇಡಿ. ದೂರದಲ್ಲಿ ಕೂದಲು ಸ್ವಲ್ಪ ದಟ್ಟವಾಗಿ ಕಾಣುತ್ತೆ. ನನ್ನ ಮಟ್ಟಿಗೆ ಅದು ತೇಪೆಗಿಂತ ವಾಸಿ.

ಎಳೆಎಳೆ

ಇಷ್ಟೆಲ್ಲ ಸರ್ಕಸ್ ಬದಲು ಕ್ರಮವೇ ಬೇಡದ ಬ್ಲೆಂಡಿಂಗ್ ಇದೆಯಲ್ಲ, ಮೆಕ್‌ಗ್ವಾಯರ್ ಮತ್ತು ಬವಾಯ್ 2013ರಲ್ಲಿ ಕೊಟ್ಟದ್ದು?

ಹಳೆಪಿಕ್ಸೆಲ್

ಹೊಗೆ, ಗಾಜಿಗೆ ಸೊಗಸು. ಅದು ಪದರಗಳನ್ನು ತೂಕ ಹಾಕಿ ಸರಾಸರಿ ಮಾಡುತ್ತೆ. ಕೂದಲಿನ ಆಲ್ಫಾ ಒಂದರ ಹತ್ತಿರ, ಮುಂದಿನ ಎಳೆ ಹಿಂದಿನದನ್ನು ಮುಚ್ಚಲೇಬೇಕು. ಸರಾಸರಿಯಲ್ಲಿ ಹಿಂದಿನದು ಜಿನುಗಿ ಇಡೀ ತಲೆ ಮಂಕಾಗುತ್ತೆ.

ಬಹುಭುಜಿ

`Preserve Coverage` ಕೆಲಸ ಮಾಡಿತು. ಇದೇ ಪಾತ್ರಕ್ಕೆ ಮೂಳೆ ಹಾಕಿದ ಜುಟ್ಟೂ ಬೇಕು, ಓಡುವಾಗ ಭುಜದ ಮುಂದಕ್ಕೆ ಬಂದು ಬೀಳಬೇಕು. ಅದಕ್ಕೂ ಇದೇ ಸಾಕಾ?

ಹಳೆಪಿಕ್ಸೆಲ್

ಕ್ರಮ ಕೂರಿಸಿದ್ದು ನಿಂತ ಭಂಗಿಗೆ. ಜುಟ್ಟು ತಿರುಚಿದರೆ ಒಳಗಿನದು ಹೊರಗಾಗುತ್ತೆ. ಜುಟ್ಟನ್ನು ಬೇರೆ ರೆಂಡರರ್ ಮಾಡಿ, ಅದಕ್ಕೆ ಬ್ಲೆಂಡ್ ಬೇಡವೇ ಬೇಡ. 4x ಎಂಎಸ್‌ಎಎ ಇದ್ದರೆ ಶೇಡರ್‌ನಲ್ಲಿ `AlphaToMask On` ಹಾಕಿ ಅಂಚನ್ನು ಹೀಗೆ ಹರಿತ ಮಾಡಿ, ಗರಗಸ ಬಹಳ ತಗ್ಗುತ್ತೆ:

```
a = saturate((a - 0.5) / max(fwidth(a), 0.0001) + 0.5);
```

ಬಹುಭುಜಿ

ನಮ್ಮ ಪ್ರಾಜೆಕ್ಟ್ ಡಿಫರ್ಡ್‌ನಲ್ಲಿದೆ ಸರ್, ಎಂಎಸ್‌ಎಎ ಸಿಗಲ್ಲ.

ಹಳೆಪಿಕ್ಸೆಲ್

ಆಗ ಉಳಿಯೋದು ಡಿದರ್ ಮತ್ತು ಟಿಎಎ. ಜುಟ್ಟು ಜೋರಾಗಿ ಬೀಸುವಾಗ ಹಿಂದೆ ನೆರಳಿನಂಥ ಬಾಲ ಬರುತ್ತೆ, ಅದನ್ನು ಪೂರ್ತಿ ತೆಗೆಯೋ ದಾರಿ ನನಗಿನ್ನೂ ಸಿಕ್ಕಿಲ್ಲ. ಯಾರಾದ್ರೂ ಡಿಫರ್ಡ್‌ನಲ್ಲಿ ಜುಟ್ಟು ಮಾಡಿದ್ದರೆ ಮುಂದುವರಿಸಿ.

ಗೊಂಬೆಮನೆ

ಮಾಡಿದ್ದೇನೆ, ಆದರೆ ಜಡೆ. ಜಡೆಯನ್ನು ಪೂರ್ತಿ ಗಟ್ಟಿ ಮೆಶ್ ಮಾಡಿ, ತುದಿಯ ಕುಚ್ಚಿಗೆ ಮಾತ್ರ ಕಾರ್ಡ್ ಹಾಕಿದೆ. ಬಾಲ ಕುಚ್ಚಿನಲ್ಲಷ್ಟೇ ಉಳೀತು.