ಪದಚರ್ಚೆ: ವಾಲ್ವ್‌ಗೆ ‘ಮುಚ್ಚು’ ಎಂದ ಮೇಲೂ ಹರಿಯುವುದಕ್ಕೆ ಏನನ್ನೋಣ?

ಭೋಸರಿ, ಪುಣೆಯಿಂದ:

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಡ್ರಮ್ಮಿಗೆ ದ್ರಾವಣ ತುಂಬುವ ಒಂದು ಲೈನ್ ಇದೆ. ಅದನ್ನು ನಡೆಸುವವರಲ್ಲಿ ಬಹಳ ಜನ ವಿಜಯಪುರ, ಕಲಬುರಗಿ ಕಡೆಯವರು. ಅವರಿಗಾಗಿ ಯಂತ್ರದ ಪಕ್ಕ ಅಂಟಿಸುವ ಸೂಚನೆಯ ಹಾಳೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳು ಸಿಗುತ್ತಿಲ್ಲ.

ಕೆಲಸ ಹೀಗೆ. 200 ಲೀಟರ್ ಎಂದು ಒತ್ತುತ್ತೇವೆ. ಫ್ಲೋಮೀಟರ್ ಅಳೆಯುತ್ತದೆ, ಟೋಟಲೈಸರ್ ಕೂಡುತ್ತಾ ಹೋಗುತ್ತದೆ. 200 ಆದಾಗ ವಾಲ್ವ್‌ಗೆ ‘ಮುಚ್ಚು’ ಎಂಬ ಸಿಗ್ನಲ್ ಹೋಗುತ್ತದೆ. ಆದರೆ ವಾಲ್ವ್ ಆ ಕ್ಷಣಕ್ಕೆ ಮುಚ್ಚುವುದಿಲ್ಲ. ಅದರೊಳಗಿನ ಗಾಳಿ ಹೊರಗೆ ಹೋಗಬೇಕು, ಸ್ಪ್ರಿಂಗ್ ತಳ್ಳಬೇಕು, ಚೆಂಡು ತಿರುಗಬೇಕು. ಅಷ್ಟರಲ್ಲಿ ಇನ್ನೂ 1.6 ಲೀಟರ್ ಹೋಗಿರುತ್ತದೆ. ಕೊನೆಗೆ ಪರದೆಯಲ್ಲಿ 201.6. ಇದಕ್ಕೆ ಪರದೆಯ ಮೇಲೆ `OVERRUN` ಎಂದಿದೆ. ಇದನ್ನು ಸರಿದೂಗಿಸಲು 198.4ಕ್ಕೇ ಮುಚ್ಚುವ ಸಿಗ್ನಲ್ ಕೊಡುವ ಸೌಲಭ್ಯ ಇದೆ. ಅದಕ್ಕೆ `PREACT` ಎನ್ನುತ್ತದೆ.

ನಮ್ಮ ಹುಡುಗರು ಮೊದಲನೆಯದಕ್ಕೆ ‘ಜಾಸ್ತಿ ಹೋತು’ ಎನ್ನುತ್ತಾರೆ. ಹಳೇ ಹಾಳೆಯಲ್ಲಿ ‘ಹೆಚ್ಚುವರಿ’ ಎಂದು ಬರೆದಿತ್ತು. ಇದರಿಂದ ನಿಜವಾದ ತೊಂದರೆ ಆಗಿದೆ. ರಾತ್ರಿ ಪಾಳಿಯಲ್ಲಿ ಒಬ್ಬರು ಪರದೆಯಲ್ಲಿ `OVERRUN` 1.6 ನೋಡಿ, ಹಾಳೆಯಲ್ಲಿದ್ದಂತೆ ಅದನ್ನು ‘ಹೆಚ್ಚುವರಿ’ ಎಂದು ಓದಿಕೊಂಡರು. ಡ್ರಮ್ಮಿನಲ್ಲಿ ಜಾಸ್ತಿ ಬಿದ್ದಿದೆ ಎಂದುಕೊಂಡು ಸೆಟ್‌ಪಾಯಿಂಟನ್ನೇ 198.4ಕ್ಕೆ ಇಳಿಸಿದರು. ಆದರೆ ಸರಿದೂಗಿಸುವ ಸೌಲಭ್ಯ ಆಗಲೇ ಚಾಲೂ ಇತ್ತು. ಬೆಳಿಗ್ಗೆವರೆಗೆ ಎಲ್ಲ ಡ್ರಮ್ಮಿನಲ್ಲೂ ಒಂದೂವರೆ ಲೀಟರಿಗಿಂತ ಜಾಸ್ತಿಯೇ ಕಡಿಮೆ ಬಿದ್ದಿತ್ತು.

ಎರಡಕ್ಕೂ ಬೇರೆ ಬೇರೆ, ಚಿಕ್ಕ ಪದ ಬೇಕು. ದಯವಿಟ್ಟು ಹೇಳಿ.

ಠಾಣೆಯಿಂದ:

ರಾಯರೇ, ‘ಹೆಚ್ಚುವರಿ’ ಒಳ್ಳೆಯ ಪದವೇ. ಎಲ್ಲರಿಗೂ ಗೊತ್ತು, ಬಿಡಬೇಡಿ. ತೊಂದರೆ ಪದದ್ದಲ್ಲ, ತರಬೇತಿಯದ್ದು. `PREACT`ಗೆ ‘ಮುಂಗಡ’ ಎನ್ನಿ. ಸಂಬಳದ ಮುಂಗಡ ಎಲ್ಲರೂ ಕೇಳುವ ಮಾತು. ಮುಂಚೆಯೇ ಲೆಕ್ಕದಿಂದ ಕಳೆಯುವುದು ಎಂಬ ಅರ್ಥ ತಟ್ಟನೆ ಬರುತ್ತದೆ.

ಇನ್ನೊಂದು. 200ಕ್ಕೆ 1.6 ಅಂದರೆ ಶೇಕಡಾ 0.8. ಹಾಳೆಯಲ್ಲಿ ‘ಯಾವ ಅಳತೆಗೂ ಶೇಕಡಾ 0.8 ಮುಂಗಡ ಇಡಿ’ ಎಂದು ಒಂದೇ ಸಾಲು ಬರೆದರೆ ಸಾಕಲ್ವಾ?

ವೆರ್ಣಾ, ಗೋವಾದಿಂದ:

‘ಮುಂಗಡ’ ನನಗೂ ಹಿಡಿಸಿತು. ಆದರೆ ಶೇಕಡಾ ಲೆಕ್ಕ ಹಾಳೆಗೆ ಹೋಗದಿರಲಿ ಸರ್. ಮುಚ್ಚುವಾಗ ಹೋಗುವ ದ್ರವಕ್ಕೂ ಬ್ಯಾಚ್ ಎಷ್ಟು ದೊಡ್ಡದು ಎಂಬುದಕ್ಕೂ ಸಂಬಂಧವಿಲ್ಲ. ಇದೇ ಲೈನಿನಲ್ಲಿ 50 ಲೀಟರ್ ತುಂಬಿದರೂ ಅದೇ 1.6 ಹೋಗುತ್ತದೆ. ಶೇಕಡಾ 0.8ರಂತೆ ಬರೀ 0.4 ಮುಂಗಡ ಇಟ್ಟರೆ 51.2 ಲೀಟರ್ ಬೀಳುತ್ತದೆ.

ಸಂಬಂಧ ಇರುವುದು ಹರಿವಿನ ವೇಗಕ್ಕೆ. ನಿಮ್ಮ ಲೈನ್ ಸೆಕೆಂಡಿಗೆ 2 ಲೀಟರ್ ಓಡುತ್ತದೆ ಎಂದಿಟ್ಟುಕೊಳ್ಳೋಣ. 1.6 ಲೀಟರ್ ಅಂದರೆ 0.8 ಸೆಕೆಂಡಿನ ಹರಿವು. ವಾಲ್ವ್ ಮುಚ್ಚಲು ನಿಜಕ್ಕೂ 0.8 ಸೆಕೆಂಡ್ ಹಿಡಿಯುತ್ತದೆ ಎಂದಲ್ಲ. ಮೊದಲು ಸ್ವಲ್ಪ ಹೊತ್ತು ಏನೂ ಅಲುಗಾಡುವುದಿಲ್ಲ, ಹರಿವು ಪೂರ್ತಿ ಇರುತ್ತದೆ. ಆಮೇಲೆ ವಾಲ್ವ್ ತಿರುಗುತ್ತಾ ಹರಿವು ಇಳಿಯುತ್ತದೆ. ಎರಡೂ ಸೇರಿ, 0.8 ಸೆಕೆಂಡ್ ಪೂರ್ತಿ ತೆರೆದಿದ್ದಷ್ಟು ಹೋಗಿದೆ, ಅಷ್ಟೇ. ಬಾಲ್ ವಾಲ್ವ್ ಅರ್ಧ ತಿರುಗಿದಾಗ ಹರಿವೂ ಅರ್ಧ ಆಗುತ್ತದೆ ಎನ್ನುವಂತಿಲ್ಲ. ಹಾಗಾಗಿ ಇದನ್ನು ಕಾಗದದ ಮೇಲೆ ಲೆಕ್ಕ ಹಾಕಬೇಡಿ, ತುಂಬಿ ನೋಡಿ ಅಳೆಯಿರಿ.

ಈಗ ಮೇಲಿನ ಟ್ಯಾಂಕ್ ಖಾಲಿಯಾಗುತ್ತಾ ಬಂದು ಹರಿವು 1.5ಕ್ಕೆ ಇಳಿದರೆ? 0.8 ಸೆಕೆಂಡಿಗೆ 1.2 ಲೀಟರ್ ಮಾತ್ರ ಹೋಗುತ್ತದೆ. ಮುಂಗಡ 1.6ರಲ್ಲೇ ಇದ್ದರೆ ಡ್ರಮ್ಮಿಗೆ 199.6 ಬೀಳುತ್ತದೆ. ಹಾಳೆಯಲ್ಲಿ ಒಂದೇ ಸಂಖ್ಯೆ ಅಚ್ಚು ಹಾಕುವ ಮೊದಲು ನಿಮ್ಮ ಹರಿವು ಬೆಳಿಗ್ಗೆಯೂ ಸಂಜೆಯೂ ಒಂದೇ ಇದೆಯಾ ನೋಡಿ.

ಇನ್ನು ಪದಕ್ಕೆ ಬರೋಣ. ‘ಹೆಚ್ಚುವರಿ’ ಬೇಡವೇ ಬೇಡ. ಬೇಕಾದ್ದಕ್ಕಿಂತ ಮಿಕ್ಕಿದ್ದು ಎಂದು ಅದರ ಅರ್ಥ. ಆದರೆ ಮುಚ್ಚುವಾಗ ಹರಿಯುವ 1.6 ಲೀಟರ್ ಬ್ಯಾಚ್ ತಪ್ಪಿದಾಗ ಮಾತ್ರ ಇರುವಂಥದ್ದಲ್ಲ. ಮುಂಗಡ ಸರಿಯಾಗಿದ್ದು, ಡ್ರಮ್ಮಿನಲ್ಲಿ 200.0 ಬಿದ್ದಾಗಲೂ ಅದು ಹರಿದೇ ಇರುತ್ತದೆ. ಆ 200ರ ಒಳಗೇ ಅದೂ ಇದೆ. ಮುಂಗಡ ಅದನ್ನು ನಿಲ್ಲಿಸುವುದಿಲ್ಲ, ಅದಕ್ಕೆ ಜಾಗ ಬಿಡುತ್ತದೆ. ನಿಮ್ಮ ರಾತ್ರಿ ಪಾಳಿಯವರನ್ನು ದಾರಿ ತಪ್ಪಿಸಿದ್ದು ಆ ಪದವೇ.

ನನ್ನ ಸಲಹೆ ‘ಕೊನೆಹರಿವು’. ಬ್ಯಾಚ್ ಮುಗಿದ ಮೇಲೆ ಬೇಕಾದ್ದಕ್ಕೂ ಬಂದದ್ದಕ್ಕೂ ಇರುವ ಅಂತರಕ್ಕೆ ಮೂರನೆಯ ಪದ ಇರಲಿ. ‘ವ್ಯತ್ಯಾಸ’ ಸಾಕು.

ಡೊಂಬಿವಿಲಿಯಿಂದ:

ನಮ್ಮಲ್ಲೂ ಇದೇ ಗೋಳು. ಎಣ್ಣೆ ತುಂಬುತ್ತೇವೆ. ಟೋಟಲೈಸರ್ ಸರಿಯಾಗಿ 200.0 ತೋರಿಸುತ್ತದೆ. ತಕ್ಕಡಿಗೆ ಇಟ್ಟು, ಸಾಂದ್ರತೆಯಿಂದ ಭಾಗಿಸಿ ನೋಡಿದರೆ 198.8 ಲೀಟರ್. ಮುಂಗಡ ಕಡಿಮೆ ಮಾಡಿ ಎಂದು ನಾನು ಹೇಳುತ್ತಲೇ ಇದ್ದೇನೆ, ಯಾರೂ ಕೇಳುತ್ತಿಲ್ಲ. ಎಷ್ಟು ಕಡಿಮೆ ಮಾಡಬೇಕು?

ವೆರ್ಣಾದಿಂದ:

ಡೊಂಬಿವಿಲಿಯವರೇ, ನಿಮ್ಮದು ಬೇರೆ ಕಾಯಿಲೆ. ಕೊನೆಹರಿವು ಮೀಟರಿನ ಮೂಲಕವೇ ಹೋಗುತ್ತದೆ, ಟೋಟಲೈಸರ್ ಅದನ್ನು ಎಣಿಸುತ್ತದೆ. ನಿಮ್ಮಲ್ಲಿ ಟೋಟಲೈಸರ್ 200 ಎನ್ನುತ್ತಿದೆ, ತಕ್ಕಡಿ ಒಪ್ಪುತ್ತಿಲ್ಲ. ಅಂದರೆ ಮುಂಗಡ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಅದನ್ನು ಮುಟ್ಟಿದರೆ ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದಂತೆ.

ಒಂದು ಪರೀಕ್ಷೆ ಮಾಡಿ. ಅದೇ ಲೈನಿನಲ್ಲಿ 50 ಲೀಟರ್ ತುಂಬಿ ತೂಗಿ. ಆಗ 0.3 ಲೀಟರ್ ಮಾತ್ರ ಕಡಿಮೆ ಬಂದರೆ ತಪ್ಪು ಅಳತೆಯ ಜೊತೆ ಬೆಳೆಯುತ್ತಿದೆ, ಮೀಟರಿನ ಫ್ಯಾಕ್ಟರ್ ನೋಡಬೇಕು. ಆಗಲೂ 1.2 ಲೀಟರೇ ಕಡಿಮೆ ಬಂದರೆ ಪ್ರತಿ ಬ್ಯಾಚಿಗೆ ಒಂದು ಸಲ ಆಗುವ ನಷ್ಟ. ವಾಲ್ವ್‌ನಿಂದ ಮೂತಿಯವರೆಗಿನ ಪೈಪಿನಲ್ಲೋ ಹೋಸಿನಲ್ಲೋ ಎಣ್ಣೆ ಉಳಿದುಕೊಳ್ಳುತ್ತಿದೆಯಾ ನೋಡಿ. ಆದರೆ ಒಂದು ಮಾತು. ಆ ಪೈಪು ಬ್ಯಾಚಿನ ಮೊದಲೂ ತುಂಬಿದ್ದು ಕೊನೆಗೂ ತುಂಬಿಯೇ ಇದ್ದರೆ ನಷ್ಟವಿಲ್ಲ. ನಡುವೆ ಯಾರೋ ಹೋಸನ್ನು ಬಕೆಟ್ಟಿಗೆ ಬಗ್ಗಿಸಿ ಖಾಲಿ ಮಾಡುತ್ತಿದ್ದರೆ ಮಾತ್ರ ಹೀಗಾಗುತ್ತದೆ.

ಡೊಂಬಿವಿಲಿಯಿಂದ:

ಬಕೆಟ್ ಇದೆ ಮೇಡಂ. ನೆಲಕ್ಕೆ ಎಣ್ಣೆ ಬೀಳಬಾರದು ಎಂದು ಇಟ್ಟಿದ್ದೇವೆ. 50 ಲೀಟರ್ ತುಂಬಿ ನೋಡಿ ಬರೆಯುತ್ತೇನೆ.

ಚಿಂಚವಾಡ, ಪುಣೆಯಿಂದ:

ಇಷ್ಟೆಲ್ಲ ಯಾಕೆ? ಈಗಿನ ಕಂಟ್ರೋಲರ್‌ಗಳು ಮುಂಗಡವನ್ನು ತಾವೇ ಕಲಿತುಕೊಳ್ಳುತ್ತವೆ. ಆ ಸೌಲಭ್ಯ ಚಾಲೂ ಮಾಡಿಬಿಟ್ಟರೆ ಹಾಳೆಯಲ್ಲಿ ಆ ಪದವೇ ಬೇಕಾಗಿಲ್ಲ.

ವೆರ್ಣಾದಿಂದ:

ಕಲಿಯುತ್ತವೆ, ಆದರೆ ಆಗಿಹೋದ ಬ್ಯಾಚಿನಿಂದ ಕಲಿಯುತ್ತವೆ. ಸಾಮಾನ್ಯವಾಗಿ ಲೆಕ್ಕ ಈ ಥರ ಇರುತ್ತದೆ:

ಹೊಸ ಮುಂಗಡ = ಹಳೆ ಮುಂಗಡ + 0.5 × (ಬಂದದ್ದು − ಬೇಕಾದದ್ದು)

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಹರಿವು 1.5ಕ್ಕೆ ಇಳಿಯಿತು, 199.6 ಬಂತು. ಮುಂಗಡ 1.6ರಿಂದ 1.4ಕ್ಕೆ ಬರುತ್ತದೆ. ಮುಂದಿನ ಡ್ರಮ್ಮಿಗೆ 199.8. ಆಮೇಲೆ ಮುಂಗಡ 1.3, ಡ್ರಮ್ಮಿಗೆ 199.9. ಅಷ್ಟರಲ್ಲಿ ಯಾರೋ ಟ್ಯಾಂಕ್ ತುಂಬಿಸುತ್ತಾರೆ, ಹರಿವು ಮತ್ತೆ 2 ಆಗುತ್ತದೆ. ಆ ಹೊತ್ತಿಗೆ ಮುಂಗಡ ಇನ್ನೂ ಇಳಿದು 1.25 ಆಗಿರುತ್ತದೆ. ಕೊನೆಹರಿವು 1.6. ಬೀಳುವುದು 200.35. ಹರಿವು ನಿಧಾನವಾಗಿ ಬದಲಾದರೆ ಕಲಿಕೆ ಜೊತೆಗೇ ಸಾಗುತ್ತದೆ, ಜಿಗಿದರೆ ಹಿಂದೆ ಬೀಳುತ್ತದೆ. ಈಗಿನ ಹರಿವನ್ನು 0.8 ಸೆಕೆಂಡಿನಿಂದ ಗುಣಿಸಿ ಮುಂಗಡವನ್ನು ಆಗಲೇ ತೆಗೆಯುವ ಕಂಟ್ರೋಲರ್ ಇದ್ದರೆ ಈ ತೊಂದರೆ ಬಹಳ ಕಡಿಮೆ.

ಇನ್ನೂ ಒಂದು ಅಪಾಯವಿದೆ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ವಾಲ್ವ್‌ನ ಗಾಳಿ ಹೊರಹೋಗುವ ಸೈಲೆನ್ಸರ್ ಧೂಳಿನಿಂದ ಕಟ್ಟಿಕೊಳ್ಳುತ್ತಾ ಬಂತು. ಮುಚ್ಚುವುದು ದಿನೇ ದಿನೇ ನಿಧಾನವಾಯಿತು. ಕಲಿಕೆ ಚಾಲೂ ಇದ್ದದ್ದರಿಂದ ಡ್ರಮ್ಮುಗಳೆಲ್ಲ ಸರಿಯಾಗಿಯೇ ಬರುತ್ತಿದ್ದವು. ಯಾರಿಗೂ ಏನೂ ಗೊತ್ತಾಗಲಿಲ್ಲ. ಕೊನೆಗೆ ಮುಂಗಡ ಕಂಟ್ರೋಲರಿನಲ್ಲಿಟ್ಟ ಮಿತಿಗೆ ಮುಟ್ಟಿತು. ಅದರಾಚೆ ಕಲಿಯಲು ಜಾಗವಿರಲಿಲ್ಲ, ಡ್ರಮ್ಮುಗಳು ಒಂದರ ಮೇಲೊಂದು ತಪ್ಪತೊಡಗಿದವು. ಮುಂಗಡ ಎಷ್ಟಿದೆ ಎಂದು ಪಾಳಿಗೊಮ್ಮೆ ಬರೆದಿಟ್ಟಿದ್ದರೆ ಮೊದಲೇ ತಿಳಿಯುತ್ತಿತ್ತು. ಹರಿವು ಅಷ್ಟೇ ಇದ್ದು ಮುಂಗಡ ಮಾತ್ರ ಏರುತ್ತಿದ್ದರೆ ವಾಲ್ವ್ ಬಿಚ್ಚಿ ನೋಡಬೇಕು. ಅದಕ್ಕೇ ಹಾಳೆಯಲ್ಲಿ ಆ ಪದ ಬೇಕೇ ಬೇಕು, ಅದರ ಮುಂದೆ ಬರೆಯಲು ಒಂದು ಖಾಲಿ ಜಾಗವೂ ಬೇಕು.

ಠಾಣೆಯಿಂದ:

ಶೇಕಡಾ ವಿಷಯ ಒಪ್ಪಿದೆ. ‘ಕೊನೆಹರಿವು’ ಒಪ್ಪಲಿಲ್ಲ. ಕೊನೆಗೆ ಹನಿಹನಿಯಾಗಿ ಬಿಡುವ ಹಂತ ಎಂದು ಓದುವವರು ತಿಳಿಯಬಹುದು. ದೊಡ್ಡ ಹರಿವಿನಿಂದ ಸಣ್ಣ ಹರಿವಿಗೆ ಇಳಿಸಿ ಮುಗಿಸುವ ಲೈನ್‌ಗಳೂ ಇವೆಯಲ್ಲ? ಅದಕ್ಕೂ ಇದೇ ಹೆಸರು ಹೊಂದಿಬಿಡುತ್ತದೆ. ‘ಮುಚ್ಚುಹರಿವು’ ಎನ್ನಬಹುದೇ?

ವೆರ್ಣಾದಿಂದ:

ಒಳ್ಳೆಯ ಆಕ್ಷೇಪಣೆ. ಎರಡು ಹಂತದ ಲೈನಿನಲ್ಲಿ ಕೊನೆಯ 5 ಲೀಟರನ್ನು ಸೆಕೆಂಡಿಗೆ 0.2ರಂತೆ ಬಿಟ್ಟರೆ, ಅದೇ 0.8 ಸೆಕೆಂಡಿಗೆ 0.16 ಲೀಟರ್ ಮಾತ್ರ ಹೋಗುತ್ತದೆ. ಹರಿವು ಸ್ವಲ್ಪ ಆಚೀಚೆ ಆದರೂ ಡ್ರಮ್ಮಿನಲ್ಲಿ ಕಾಣುವುದಿಲ್ಲ. ಆದರೆ ಆ 5 ಲೀಟರಿಗೇ 25 ಸೆಕೆಂಡ್ ಬೇಕು, ಉತ್ಪಾದನೆಯವರು ಒಪ್ಪಬೇಕು. ಅಲ್ಲಿ ಸಣ್ಣ ಹರಿವಿಗೂ ಒಂದು ಹೆಸರು ಬೇಕಾಗುತ್ತದೆ, ನಿಜ. ‘ಮುಚ್ಚುಹರಿವು’ ಅರ್ಥಕ್ಕೆ ಸರಿ. ಮುಚ್ಚಿದ ಹರಿವು ಎಂದು ಕೇಳಿಸುತ್ತದೆಯೇನೋ ಎಂಬುದೊಂದೇ ಅನುಮಾನ. ಇದನ್ನು ಲೈನಿನಲ್ಲಿ ನಿಂತವರೇ ಹೇಳಬೇಕು.

ಭೋಸರಿಯಿಂದ:

ಎಲ್ಲರಿಗೂ ಧನ್ಯವಾದ. ಎರಡೂ ಪದಗಳನ್ನು ಹುಡುಗರ ಮುಂದಿಟ್ಟೆ. ‘ಮುಂಗಡ’ಕ್ಕೆ ಯಾರದೂ ತಕರಾರಿಲ್ಲ. ಇನ್ನೊಂದರಲ್ಲಿ ಪಾಳಿಯೇ ಎರಡು ಭಾಗವಾಯಿತು. ಇಂಡಿ ಕಡೆಯ ಹಿರಿಯರೊಬ್ಬರು ‘ಬಂದ್ ಮಾಡಿದಮ್ಯಾಲೆ ಹೋಗಿದ್ದು ಅಂತ ಬರೀರಿ, ಹೆಸರು ಯಾಕ ಬೇಕು?’ ಎಂದರು. ಪರದೆಯ ಜಾಗಕ್ಕೆ ಅದು ಉದ್ದ. ಹಾಳೆಯಲ್ಲಿ ಮಾತ್ರ ಅವರ ಮಾತನ್ನೇ ಹಾಕಿದ್ದೇನೆ:

‘ಬಂದ್ ಮಾಡಿದ ಮೇಲೆ ಹೋದದ್ದು: ಇದು ಡ್ರಮ್ಮಿನ 200ರ ಒಳಗೇ ಇದೆ. ಇದನ್ನು ನೋಡಿ ಸೆಟ್‌ಪಾಯಿಂಟ್ ಮುಟ್ಟಬೇಡಿ. ವ್ಯತ್ಯಾಸ 0.5 ದಾಟಿದರೆ ಮೇಲ್ವಿಚಾರಕರನ್ನು ಕರೆಯಿರಿ. ಪಾಳಿ ಶುರುವಾದಾಗ ಮುಂಗಡ ಎಷ್ಟಿತ್ತು: ____’

ಇನ್ನೊಂದು ಪ್ರಶ್ನೆ ಉಳಿದಿದೆ. ನಮ್ಮ ಕಂಟ್ರೋಲರ್ ಮುಚ್ಚುವ ಸಿಗ್ನಲ್ ಕೊಟ್ಟ ಮೇಲೆ 3 ಸೆಕೆಂಡ್ ಕಾದು ಲೆಕ್ಕ ಮುಗಿಸುತ್ತದೆ. ಈ ಕಾಯುವ ಹೊತ್ತನ್ನು ಯಾರೋ ಸೊನ್ನೆ ಮಾಡಿದರೆ ಕೊನೆಯ ಪಲ್ಸ್‌ಗಳು ಎಣಿಕೆಗೇ ಬರುವುದಿಲ್ಲ. ಡ್ರಮ್ಮಿಗೆ 1.6 ಬಿದ್ದಿದ್ದರೂ ಪರದೆ ಅದನ್ನು ತೋರಿಸುವುದಿಲ್ಲ. ಈ ಹೊತ್ತಿಗೆ ‘ತಂಗು’ ಎಂದು ಬರೆಯಲೇ, ‘ಕಾಯುವ ಸಮಯ’ ಎಂದೇ ಬಿಡಲೇ?