ಹಾವು ಕಚ್ಚಿದವರನ್ನು ದೊಡ್ಡಾಸ್ಪತ್ರೆಗೆ ಕಳಿಸುವಾಗ ಚೀಟಿಯಲ್ಲಿ ಏನು ಬರೆಯಬೇಕು?

ವೈದ್ಯಾಧಿಕಾರಿ, ಕುಮಟಾ ಕಡೆ: ಸರ್, ಹಾವು ಕಚ್ಚಿದವರನ್ನು ರಾತ್ರಿ ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸುತ್ತೇವೆ. ರೆಫರಲ್ ಚೀಟಿ ಬರೆಯೋಕೆ ಐದು ನಿಮಿಷವೂ ಇರೋದಿಲ್ಲ. ನಿಮ್ಮ ಕಡೆ ನಿಜವಾಗಿ ಬೇಕಾಗೋದು ಏನು?

ಐಸಿಯು ಡಾಕ್ಟರ್, ಹುಬ್ಬಳ್ಳಿ: ಸಮಯ. ಎಲ್ಲಕ್ಕಿಂತ ಮೊದಲು ಗಡಿಯಾರದ ಸಮಯ. ಯಾಕೆ ಅಂತ ಒಂದು ಕೇಸ್ ಹೇಳುತ್ತೇನೆ. ಇದು ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಐವತ್ತು ದಾಟಿದ ಹೆಂಗಸು. ಅಡಿಕೆ ತೋಟದಲ್ಲಿ ಸಂಜೆ ಹಾಳೆ ಹೆಕ್ಕುವಾಗ ಪಾದಕ್ಕೆ ಕಚ್ಚಿದೆ. ಘಟ್ಟದ ಮೇಲಿನ ಒಂದು ಆಸ್ಪತ್ರೆಯಿಂದ ನಮ್ಮಲ್ಲಿಗೆ ಬಂದಾಗ ರಾತ್ರಿ 11:50. ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹಾವು ಕಡಿತ, ಪ್ರತಿವಿಷ ಕೊಡಲಾಗಿದೆ, ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ. ಎಷ್ಟು ವಯಲ್, ಯಾವಾಗ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿದ್ದಾರಾ, ಒಂದೂ ಇಲ್ಲ. ಗಂಡನನ್ನು ಕೇಳಿದರೆ "ಎರಡು ಬಾಟ್ಲಿ ಹಾಕಿದ್ರು" ಅಂದರು. ಎರಡು ಬಾಟಲಿ ಅಂದರೆ ಎರಡು ವಯಲ್ ಆಗಬಹುದು, ಹತ್ತು ವಯಲ್ ಕರಗಿಸಿದ ಒಂದು ಸಲೈನ್ ಮತ್ತು ಬರೀ ಸಲೈನ್ ಇನ್ನೊಂದು ಆಗಬಹುದು. ಮನೆಯವರ ಕಣ್ಣಿಗೆ ಎಲ್ಲಾ ಬಾಟಲಿ ಒಂದೇ ಅಲ್ವಾ? ಫೋನ್ ಮಾಡಿದೆವು. ಯಾರೂ ಎತ್ತಲಿಲ್ಲ.

ನಾವು ಗಾಜಿನ ಟ್ಯೂಬಿನಲ್ಲಿ ರಕ್ತ ಇಟ್ಟೆವು. 20 ನಿಮಿಷ ಆದಮೇಲೆ ಓರೆ ಮಾಡಿದರೆ ನೀರಿನ ಹಾಗೆ ಹರಿಯಿತು. ಕಷ್ಟ ಶುರುವಾದದ್ದು ಇಲ್ಲಿ. ಮಂಡಲದ ಕಡಿತದಲ್ಲಿ ಪ್ರತಿವಿಷ ವಿಷವನ್ನು ಹಿಡಿಯುತ್ತದೆ, ಅಷ್ಟೇ. ಖರ್ಚಾಗಿ ಹೋದ ಹೆಪ್ಪುಗಟ್ಟಿಸುವ ಅಂಶಗಳನ್ನು ಲಿವರ್ ಹೊಸದಾಗಿ ಮಾಡಿಕೊಡಬೇಕು. ಅದಕ್ಕೆ ಸುಮಾರು 6 ಗಂಟೆ ಹಿಡಿಯುತ್ತದೆ. ಹಾಗಾಗಿ ಪ್ರತಿವಿಷ ಕೊಟ್ಟು ನಾಲ್ಕು ಗಂಟೆಗೆ ರಕ್ತ ಹೆಪ್ಪುಗಟ್ಟದಿದ್ದರೆ ಔಷಧಿ ಸೋತಿದೆ ಅಂತಲ್ಲ, ಇನ್ನೂ ಸಮಯ ಆಗಿಲ್ಲ ಅಂತ. ಆರು ಗಂಟೆಗೂ ಹೆಪ್ಪುಗಟ್ಟದಿದ್ದರೆ ಮಾತ್ರ ಇನ್ನೊಂದು ಡೋಸ್ ಬೇಕು. ಆದರೆ ನಮ್ಮ ಕೈಯಲ್ಲಿ ಶುರು ಮಾಡಿದ ಸಮಯವೇ ಇಲ್ಲ. ಎರಡೇ ವಯಲ್ ಕೊಟ್ಟಿದ್ದರೆ ಕಾಯುವುದು ಅಪಾಯ. ಹತ್ತು ಕೊಟ್ಟಿದ್ದರೆ ಕಾಯಬೇಕಿತ್ತು.

ಒಸಡಿನಿಂದ ರಕ್ತ ಬರುತ್ತಿತ್ತು. ಕಾಯಲು ಧೈರ್ಯ ಆಗಲಿಲ್ಲ. ಹತ್ತು ವಯಲ್ ಶುರು ಮಾಡಿದೆವು. ಕಾಲು ಗಂಟೆಗೆ ಮೈಯೆಲ್ಲ ದದ್ದು, ಬಿಪಿ 70ಕ್ಕೆ ಇಳಿಯಿತು. ಅಡ್ರಿನಲಿನ್ ಕೊಟ್ಟು ಸುಧಾರಿಸಿದೆವು. ಬೆಳಗ್ಗೆ ಆ ಆಸ್ಪತ್ರೆಯ ನರ್ಸ್ ತಾವಾಗೇ ಫೋನ್ ಮಾಡಿದರು. ಪಾಪ, ಅವರಿಗೆ ರಾತ್ರಿಯಿಡೀ ಅದೇ ಯೋಚನೆ. ಹತ್ತು ವಯಲ್ 7:40ಕ್ಕೇ ಶುರುವಾಗಿತ್ತಂತೆ. ಅಲ್ಲಿಯೂ ರಿಯಾಕ್ಷನ್ ಆಗಿ ಅಡ್ರಿನಲಿನ್ ಕೊಟ್ಟಿದ್ದರಂತೆ. ಅಂದರೆ ನಾವು 1:40ರ ತನಕ ಕಾದು ನೋಡಬೇಕಿತ್ತು. ಕೊಡಲೇಬೇಕಾಗಿದ್ದರೂ ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟುಕೊಂಡೇ ಕೊಡುತ್ತಿದ್ದೆವು.

ಇಂಥ ಚೀಟಿ ಬಂದಿದ್ದರೆ ಸಾಕಿತ್ತು (ನೀವು ಇಂಗ್ಲಿಷಿನಲ್ಲೇ ಬರೆಯಿರಿ): "ಕಚ್ಚಿದ್ದು ಸಂಜೆ 5:40, ಬಲ ಪಾದ. ಹಾವು ನೋಡಿಲ್ಲ. ಇಲ್ಲಿಗೆ ಬಂದದ್ದು 7:05. ಗಾಜಿನ ಟ್ಯೂಬ್ ಪರೀಕ್ಷೆ 7:10ಕ್ಕೆ ಇಟ್ಟು 7:30ಕ್ಕೆ ನೋಡಿದ್ದು, ಹೆಪ್ಪುಗಟ್ಟಿಲ್ಲ. ಪ್ರತಿವಿಷ 10 ವಯಲ್, ಶುರು 7:40, ಮುಗಿದದ್ದು 8:55. ನಡುವೆ 7:55ಕ್ಕೆ ದದ್ದು, ಬಿಪಿ 80, ಅಡ್ರಿನಲಿನ್ 0.5 ಎಂ.ಜಿ. ತೊಡೆಗೆ, 15 ನಿಮಿಷ ನಿಲ್ಲಿಸಿ ಮತ್ತೆ ಶುರು. ಮುಂದಿನ ಪರೀಕ್ಷೆ 1:40ಕ್ಕೆ. ಕಚ್ಚಿದ ಮೇಲೆ ಮೂತ್ರ ಒಂದೇ ಸಲ, ಸುಮಾರು 150 ಎಂ.ಎಲ್., ಕೆಂಪು. ಕಣ್ಣು ರೆಪ್ಪೆ, ಉಸಿರು ಸರಿ ಇದೆ. ಹೊರಟದ್ದು 9:20, ಆಗ ಬಿಪಿ 110/70." ಕೆಳಗೆ ಡ್ಯೂಟಿ ಡಾಕ್ಟರ ಸ್ವಂತ ಮೊಬೈಲ್ ನಂಬರ್. ಎರಡು ನಿಮಿಷದ ಕೆಲಸ.

ವೈದ್ಯಾಧಿಕಾರಿ, ಕುಮಟಾ ಕಡೆ: ಆಮೇಲೆ ಅವರು ಉಳಿದರಾ ಸರ್?

ಐಸಿಯು ಡಾಕ್ಟರ್: ಉಳಿದರು. ಮೂರು ವಾರ ಡಯಾಲಿಸಿಸ್ ಬೇಕಾಯಿತು, ಈಗ ಕಿಡ್ನಿ ಸರಿಯಾಗಿದೆ. ಕಿಡ್ನಿಗೆ ಪೆಟ್ಟಾಗಿದ್ದು ವಿಷದಿಂದ. ಚೀಟಿ ಸರಿ ಇದ್ದಿದ್ದರೆ ಅದು ತಪ್ಪುತ್ತಿತ್ತು ಅಂತ ನಾನು ಹೇಳುವುದಿಲ್ಲ. ಎರಡನೇ ರಿಯಾಕ್ಷನ್ ಮಾತ್ರ ತಪ್ಪಿಸಬಹುದಿತ್ತು.

ಸ್ಟಾಫ್ ನರ್ಸ್, ಶಿರಸಿ: ಸರ್, ನಮ್ಮಲ್ಲಿ ಗಾಜಿನ ಟ್ಯೂಬ್ ಖಾಲಿಯಾದಾಗ ಪ್ಲಾಸ್ಟಿಕ್ ಟ್ಯೂಬಿನಲ್ಲೇ ಪರೀಕ್ಷೆ ಇಡುತ್ತೇವೆ. ಅದನ್ನೇ ಬರೆದರೆ ನಡೆಯುತ್ತಾ?

ಐಸಿಯು ಡಾಕ್ಟರ್: ಒಳ್ಳೆಯ ಪ್ರಶ್ನೆ ಮೇಡಂ, ಇದನ್ನು ಯಾರೂ ಕೇಳುವುದಿಲ್ಲ. ಗಾಜಿನ ಮೈ ತಗುಲಿದರೇ ರಕ್ತ ಹೆಪ್ಪುಗಟ್ಟಲು ಶುರುವಾಗುವುದು. ಪ್ಲಾಸ್ಟಿಕ್‌ನಲ್ಲಿ ಆರೋಗ್ಯವಂತರ ರಕ್ತವೂ 20 ನಿಮಿಷಕ್ಕೆ ಹೆಪ್ಪುಗಟ್ಟದೇ ಇರಬಹುದು. ಸೋಪಿನಲ್ಲಿ ತೊಳೆದ ಗಾಜಿನದ್ದೂ ಅದೇ ಕಥೆ. ಹೊಸ, ಒಣಗಿದ ಗಾಜಿನ ಟ್ಯೂಬ್, 2 ಎಂ.ಎಲ್. ರಕ್ತ, 20 ನಿಮಿಷ ಅಲುಗಾಡಿಸಬಾರದು, ಒಮ್ಮೆ ಮಾತ್ರ ಓರೆ ಮಾಡಿ ನೋಡುವುದು. ಗಾಜು ಇಲ್ಲದಿದ್ದರೆ "ಪ್ಲಾಸ್ಟಿಕ್‌ನಲ್ಲಿ ಮಾಡಿದ್ದು" ಅಂತಲೇ ಬರೆದುಬಿಡಿ. ನಾವು ಅದನ್ನು ನಂಬಿಕೊಂಡು ಕೂರುವುದಿಲ್ಲ.

ನಿವೃತ್ತ ಮೇಷ್ಟ್ರು, ಹೊನ್ನಾವರ: ಒಂದು ಮಾಹಿತಿ ಬಂದಿತ್ತು, ಹಂಚುತ್ತಿದ್ದೇನೆ. ಕಚ್ಚಿದ ಜಾಗಕ್ಕೆ ವಿಷದ ಕಲ್ಲು ಇಟ್ಟರೆ ವಿಷ ಹೀರುತ್ತದಂತೆ. ಮೇಲೆ ಬಿಗಿಯಾಗಿ ಹಗ್ಗ ಕಟ್ಟಬೇಕಂತೆ. ದೂರದ ಹಳ್ಳಿಯವರಿಗೆ ಉಪಯೋಗ ಆಗಬಹುದು.

ಐಸಿಯು ಡಾಕ್ಟರ್: ಮೇಷ್ಟ್ರೇ, ದಯವಿಟ್ಟು ಇದನ್ನು ಅಳಿಸಿ. ಕಲ್ಲು ವಿಷ ಹೀರುವುದಿಲ್ಲ. ಹಗ್ಗ ಬಿಗಿದರೆ ಕಾಲು ಕೊಳೆಯಬಹುದು.

ವೈದ್ಯರಿಗೆ ಒಂದು ಮಾತು. ಇಂಥ ಫಾರ್ವರ್ಡ್ ಓದಿ ಹಗ್ಗ ಕಟ್ಟಿಕೊಂಡು ಬಂದವರು ಇದ್ದೇ ಇರುತ್ತಾರೆ. ಕಟ್ಟು ಎಷ್ಟು ಗಂಟೆಗೆ ಹಾಕಿದ್ದು, ನೀವು ಬಿಚ್ಚಿದ್ದು ಎಷ್ಟು ಗಂಟೆಗೆ, ಅಥವಾ ಇನ್ನೂ ಇದೆಯಾ, ಚೀಟಿಯಲ್ಲಿ ಬರೆಯಿರಿ. ಬಿಗಿ ಕಟ್ಟನ್ನು ಒಮ್ಮೆಲೇ ಬಿಚ್ಚಿದರೆ ತಡೆದು ನಿಂತ ವಿಷ ಒಟ್ಟಿಗೇ ಮೈಗೆ ಏರಬಹುದು. ಅದು ಗೊತ್ತಿಲ್ಲದೆ ನಮ್ಮ ವಾರ್ಡಿನಲ್ಲಿ ಯಾರೋ ಕಾಲಿಗೆ ಬಿಗಿದ ಸೀರೆ ಅಂಚು ಕಂಡು ಕತ್ತರಿಸಿಬಿಟ್ಟರೆ ಕಷ್ಟ. ಊದಿದ ಗಡಿಗೆ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದು ಕಳಿಸಿ. ಆ ಗೆರೆ ಚೀಟಿಗಿಂತ ಜಾಸ್ತಿ ಹೇಳುತ್ತದೆ.

ನಿವೃತ್ತ ಮೇಷ್ಟ್ರು, ಹೊನ್ನಾವರ: ನಮ್ಮ ಅಜ್ಜನ ಕಾಲದಲ್ಲಿ ಇದರಿಂದಲೇ ಎಷ್ಟೋ ಜನ ಬದುಕಿದ್ದಾರೆ ಡಾಕ್ಟ್ರೇ.

ತೋಟದವರು, ಸಿದ್ದಾಪುರ: ವಿಷ ಇಲ್ಲದ ಹಾವು ಕಚ್ಚಿದವರು ಬದುಕಿದ್ದು ಮೇಷ್ಟ್ರೇ. ನನ್ನ ತಮ್ಮನಿಗೆ ಕಲ್ಲು ಇಟ್ಟೇ ಎರಡು ತಾಸು ಹೋಯಿತು. ಡಾಕ್ಟರ್ ಸರ್, ನನ್ನದೂ ಒಂದು ಪ್ರಶ್ನೆ. ಆಯುಷ್ಮಾನ್ ಕಾರ್ಡಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು ಅಂತಾರಲ್ಲ, ಈ ಚೀಟಿಯೇ ಸಾಕಾಗುತ್ತಾ?

ಐಸಿಯು ಡಾಕ್ಟರ್: ಅದು ದುಡ್ಡಿನ ಕಾಗದ. ನಾನು ಹೇಳುತ್ತಿರುವುದು ಚಿಕಿತ್ಸೆಯ ಕಾಗದ. ಎರಡೂ ಬೇರೆ.

ವೈದ್ಯಾಧಿಕಾರಿ, ಭಟ್ಕಳ ಕಡೆ: ನಾನು "ಮಂಡಲದ ಹಾವು" ಅಂತ ಬರೆದುಬಿಡುತ್ತೇನೆ. ಹಾವಿನ ಹೆಸರು ಇದ್ದರೆ ನಿಮಗೆ ಚಿಕಿತ್ಸೆ ಸುಲಭ ಅಲ್ವಾ?

ಐಸಿಯು ಡಾಕ್ಟರ್: ಅರ್ಧ ಸರಿ. ಹೆಸರು ಖಚಿತ ಇದ್ದರೆ ಸುಲಭ. ಆದರೆ ನಿಮ್ಮ ಜಿಲ್ಲೆಯಲ್ಲಿ ಮಂಡಲ ಅಂದರೆ ಕೊಳಕುಮಂಡಲವೂ ಹೌದು, ಗರಗಸ ಮಂಡಲವೂ ಹೌದು, ಘಟ್ಟದ ಗುಳಿಮಂಡಲವೂ ಹೌದು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೇ ಮಾಡಿದ್ದು. ಗುಳಿಮಂಡಲದ ವಿಷಕ್ಕೆ ಅದು ಹಿಡಿಯುವುದಿಲ್ಲ. ಮೂತಿ ಮೇಲೆದ್ದ ಸಣ್ಣ ಗುಳಿಮಂಡಲ ಕಚ್ಚಿದರೂ ರಕ್ತ ಹೆಪ್ಪುಗಟ್ಟದೇ ಇರಬಹುದು, ಕಿಡ್ನಿ ಕೆಡಬಹುದು. ಅಲ್ಲಿ ಸುಮ್ನೆ ವಯಲ್ ಮೇಲೆ ವಯಲ್ ಏರಿಸಿದರೆ ರಿಯಾಕ್ಷನ್ ಅಷ್ಟೇ ಸಿಗುವುದು. ಹಾಗಾಗಿ "ಮನೆಯವರು ಮಂಡಲ ಅನ್ನುತ್ತಾರೆ, ಫೋಟೋ ಇದೆ" ಅಂತ ಬರೆಯಿರಿ. ಅಥವಾ "ಹಾವು ನೋಡಿಲ್ಲ" ಅಂತ ಬರೆಯಿರಿ. ಊಹೆಯನ್ನು ರೋಗನಿರ್ಣಯ ಮಾಡಬೇಡಿ. ಒಮ್ಮೆ ಚೀಟಿಯಲ್ಲಿ ಕೂತ ಹೆಸರು ಮೂರು ವಾರ್ಡ್ ದಾಟಿದರೂ ಅಳಿಯುವುದಿಲ್ಲ.

ಖಾಸಗಿ ವೈದ್ಯರು, ಅಂಕೋಲಾ: ಇದಕ್ಕೊಂದು ಫಾರ್ಮ್ಯಾಟ್ ಇದ್ದರೆ ಕಳಿಸಿ ಸರ್.

ಐಸಿಯು ಡಾಕ್ಟರ್: ಮೇಲೆ ಬರೆದಿದ್ದೇನೆ.

ಲ್ಯಾಬ್ ಟೆಕ್ನಿಷಿಯನ್, ಕಾರವಾರ: ಫಾರ್ಮ್ಯಾಟ್ ಪಿಡಿಎಫ್ ಸಿಗಬಹುದಾ?

ಐಸಿಯು ಡಾಕ್ಟರ್: ಮೇಲೆ ಇದೆ. ಓದಿ.

108 ಸಿಬ್ಬಂದಿ, ಯಲ್ಲಾಪುರ: ಡಾಕ್ಟ್ರೇ, ಚೀಟಿ ಬರೆದು ಲಕೋಟೆಗೆ ಹಾಕಿ ಅಂಟಿಸಿ ಕೊಡುತ್ತಾರೆ. ಒಳಗೆ ಏನಿದೆ ನಮಗೆ ಗೊತ್ತಿಲ್ಲ. ಅರಬೈಲ್ ಘಟ್ಟದಲ್ಲಿ ಒಬ್ಬನ ರೆಪ್ಪೆ ಬಿದ್ದಿತು. ಮೊದಲೇ ಬಿದ್ದಿತ್ತಾ ಈಗ ಬಿತ್ತಾ ಅಂತಲೂ ನಮಗೆ ಗೊತ್ತಾಗಲಿಲ್ಲ.

ಖಾಸಗಿ ವೈದ್ಯರು, ಅಂಕೋಲಾ: ಅದಕ್ಕೇ ನಾನು ಹೇಳೋದು, ಉಸಿರು ಸರಿ ಇದ್ದರೆ ತಡ ಮಾಡದೆ ಕಳಿಸಿಬಿಡಬೇಕು. ಉಳಿದದ್ದು ಅಲ್ಲಿಯವರು ನೋಡಿಕೊಳ್ಳುತ್ತಾರೆ.

ಐಸಿಯು ಡಾಕ್ಟರ್: ಇಲ್ಲ. ಕಟ್ಟುಹಾವು ಕಚ್ಚಿದವರ ಉಸಿರು ಹೊರಡುವಾಗ ಸರಿಯೇ ಇರುತ್ತದೆ. ನಿಲ್ಲುವುದು ಘಟ್ಟದ ನಡುವೆ. ರೆಪ್ಪೆ ಬಿದ್ದ ಗಂಟೆ, ಮಲಗಿದಲ್ಲಿಂದ ಕತ್ತು ಎತ್ತುತ್ತಾರಾ, ಒಂದೇ ಉಸಿರಿನಲ್ಲಿ ಎಷ್ಟರ ತನಕ ಎಣಿಸುತ್ತಾರೆ, ಇದನ್ನು ಹೊರಡುವ ಮುಂಚೆ ಬರೆಯಿರಿ. ಏಳೂವರೆಗೆ 25ರ ತನಕ ಎಣಿಸಿದವರು ಎಂಟಕ್ಕೆ 12ಕ್ಕೇ ನಿಲ್ಲಿಸಿದರೆ, ಗಂಟಲಿಗೆ ಉಸಿರಾಟದ ಟ್ಯೂಬ್ ಹಾಕದೆ ಕಳಿಸಬಾರದು. ಹಾಕಿ ಕಳಿಸಿದರೆ ಟ್ಯೂಬಿನ ಅಳತೆ, ತುಟಿಯ ಹತ್ತಿರ ಎಷ್ಟು ಸೆಂಟಿಮೀಟರ್ ಇದೆ, ಅದೂ ಬರೆಯಿರಿ. ತಿರುವಿನಲ್ಲಿ ಟ್ಯೂಬ್ ಜಾರಿದರೆ ಗೊತ್ತಾಗುವುದು ಅದರಿಂದಲೇ. ಲಕೋಟೆ ಅಂಟಿಸಬೇಡಿ. ಒಂದು ಪ್ರತಿ ಅಂಬುಲೆನ್ಸಿನವರ ಕೈಗೆ ಕೊಡಿ, ಓದಿ ಹೇಳಿ.

ವೈದ್ಯಾಧಿಕಾರಿ, ಭಟ್ಕಳ ಕಡೆ: ಟ್ಯೂಬ್ ಹಾಕಿ ಕಳಿಸಿ ಅಂತ ಹೇಳೋದು ಸುಲಭ ಸರ್. ರಾತ್ರಿ ನಾನೊಬ್ಬನೇ, ಒಳಗೆ ಹೆರಿಗೆ, ಹೊರಗೆ ಅಪಘಾತ. ನಿಮ್ಮ ಐಸಿಯುವಿನಲ್ಲಿ ಎಷ್ಟು ಜನ ಇರುತ್ತೀರಿ?

108 ಸಿಬ್ಬಂದಿ, ಯಲ್ಲಾಪುರ: ಒಬ್ಬರೇ ಇದ್ದರೂ ನಮ್ಮ ಜೊತೆ ಒಂದು ಮಾತು ಆಡಬಹುದಲ್ಲ ಸರ್. ನಾವು ಬರೀ ಗಾಡಿ ಓಡಿಸುವವರಲ್ಲ.

ವೈದ್ಯಾಧಿಕಾರಿ, ಭಟ್ಕಳ ಕಡೆ: ನಾನು ಹಾಗೆ ಅಂದೆನಾ? ಎಲ್ಲಾ ತಪ್ಪೂ ಕಳಿಸುವವರ ತಲೆಗೇ ಕಟ್ಟಬೇಡಿ ಅಂದೆ. ಫೋನ್ ಮಾಡಿದರೆ ದೊಡ್ಡಾಸ್ಪತ್ರೆಯವರೂ ಎತ್ತುವುದಿಲ್ಲ.

ಐಸಿಯು ಡಾಕ್ಟರ್: ಅದು ನಿಜ. ನಮ್ಮ ಕಡೆಯ ತಪ್ಪು ಅದು, ಒಪ್ಪುತ್ತೇನೆ. ಒಬ್ಬರೇ ಇದ್ದಾಗ ನರ್ಸ್ ಬರೆಯಲಿ, ನೀವು ಸಹಿ ಹಾಕಿ. ಪ್ರತಿವಿಷದ ಸಮಯ ಹೇಗೂ ಅವರ ಚಾರ್ಟಿನಲ್ಲಿ ಇರುತ್ತದೆ. ಚಾರ್ಟಿನ ಫೋಟೋ ತೆಗೆದು ಪ್ರಿಂಟ್ ಮಾಡಿ ಹಚ್ಚಿದರೂ ನನಗೆ ಸಾಕು.

ನಿವೃತ್ತ ಮೇಷ್ಟ್ರು, ಹೊನ್ನಾವರ: ಇನ್ನೊಂದು ಬಂದಿದೆ, ಈರುಳ್ಳಿ ರಸ ಕುಡಿಸಿದರೆ...

ಐಸಿಯು ಡಾಕ್ಟರ್: ಮೇಷ್ಟ್ರೇ, ಬೇಡ. ಕಣ್ಣು, ಗಂಟಲು ಸೋತವರಿಗೆ ಬಾಯಿಗೆ ಏನು ಹಾಕಿದರೂ ಶ್ವಾಸಕೋಶಕ್ಕೆ ಹೋಗುತ್ತದೆ. ಅಡ್ಮಿನ್, ಇದನ್ನು ತೆಗೆಯಿರಿ.

ನಿವೃತ್ತ ಮೇಷ್ಟ್ರು, ಹೊನ್ನಾವರ: ಹಿರಿಯರ ಜೊತೆ ಮಾತಾಡುವ ರೀತಿಯೇ ಇದು?

ತೋಟದವರು, ಸಿದ್ದಾಪುರ: ಮಾರಾಯ್ರೆ, ಡಾಕ್ಟ್ರು ರಾತ್ರಿ ನಿದ್ದೆಗೆಟ್ಟು ಬರೆಯುತ್ತಿದ್ದಾರೆ, ಸ್ವಲ್ಪ ಸುಮ್ಮನಿರಿ.

108 ಸಿಬ್ಬಂದಿ, ಯಲ್ಲಾಪುರ: ಸರ್, ಚೀಟಿಯೇ ಕೊಡದೆ ಹೊರಡಿ ಅಂದರೆ ನಾವು ಹೊರಡಬಹುದಾ, ನಿಲ್ಲಬೇಕಾ?

ಸ್ಟಾಫ್ ನರ್ಸ್, ಶಿರಸಿ: ಸರ್, ಪ್ರತಿವಿಷ ಅರ್ಧ ಬಾಟಲಿ ಇರುವಾಗಲೇ ಅಂಬುಲೆನ್ಸ್ ಬಂದರೆ? ಎಷ್ಟು ಒಳಗೆ ಹೋಗಿದೆ ಅಂತ ಹೇಗೆ ಬರೆಯೋದು?

ಐಸಿಯು ಡಾಕ್ಟರ್: 10 ವಯಲ್ ಎಷ್ಟು ಸಲೈನಿಗೆ ಹಾಕಿದ್ದೀರಿ, ಬಾಟಲಿಯಲ್ಲಿ ಎಷ್ಟು ಎಂ.ಎಲ್. ಉಳಿದಿದೆ, ಆಗ ಗಂಟೆ ಎಷ್ಟು. ಬಾಟಲಿಯ ಮೇಲೇ ಪ್ಲಾಸ್ಟರ್ ಹಚ್ಚಿ ಬರೆಯಿರಿ, ಚೀಟಿಯಲ್ಲೂ ಬರೆಯಿರಿ. ದಾರಿಯಲ್ಲಿ ಓಡುತ್ತಿದ್ದರೆ ಅಡ್ರಿನಲಿನ್ ಜೊತೆಗೆ ಕಳಿಸಿ, ಕೊಡಲು ಬರುವವರು ಒಬ್ಬರು ಗಾಡಿಯಲ್ಲಿ ಇರಲಿ. ಖಾಲಿ ವಯಲ್‌ಗಳನ್ನು ಕವರಿನಲ್ಲಿ ಹಾಕಿ ಕೊಟ್ಟುಬಿಡಿ ಮೇಡಂ, ನಾವು ಎಣಿಸಿಕೊಳ್ಳುತ್ತೇವೆ. ಈಗ ಒಂದು ಕೇಸ್ ಬಂತು, ಹೊರಟೆ.

ಲ್ಯಾಬ್ ಟೆಕ್ನಿಷಿಯನ್, ಕಾರವಾರ: ಪಿಡಿಎಫ್ ಯಾರ ಹತ್ತಿರ ಆದರೂ ಇದೆಯಾ?